ಗುರುತೇ ಇಲ್ಲದವರ ಹಾಗೆ

"ನೀವೇನು ಮನುಷ್ಯರೋ, ಕಟುಕರೋ?"

ಔಷಧ ಕೊಡುವ ಕಿಟಕಿಯ ಒಳಗೆ ಕೂತಿದ್ದ ಕಾಂಪೌಂಡರ್ ಶಿವಮಲ್ಲಪ್ಪ ಬೆಚ್ಚಿಬಿದ್ದ. ಕಿಟಕಿಯ ಆಚೆ ಎರಡು ಕಣ್ಣು ಕೆಂಡ ಕಾರುತ್ತಿದ್ದವು. ಸಾಲಿಗೆ ಇನ್ನೂ ಯಾರೂ ಬಾರದ ಬೆಳಗಿನ ಹೊತ್ತಿನಲ್ಲಿ, ಅದೂ ಮಜ್ಜಿಗೆ ಕುಡಿಯುವ ಮುಂಚೆ, ಇಂಥ ಬೈಗುಳ ತಿಂದು ಅವನಿಗೆ ಅಭ್ಯಾಸವಿರಲಿಲ್ಲ.

"ಏನಾಯ್ತಮ್ಮ?"

"ಏನಾಯ್ತಾ? ನೋಡಿ ಇಲ್ಲಿ!"

ಸಿದ್ದಲಿಂಗಮ್ಮ ತನ್ನ ಹಿಂದೆ ಅಡಗಿಕೊಂಡಿದ್ದ ಗೆಳತಿ ಮುತ್ತಮ್ಮನ ಎರಡು ಕೈಯನ್ನೂ ಎಳೆದು ಕಿಟಕಿಯೊಳಗೆ ಚಾಚಿದಳು. ಬೆರಳುಗಳು ಬಿಳಿಚಿ ಸುಕ್ಕುಗಟ್ಟಿದ್ದವು. ಅಂಗೈ ಚರ್ಮ ಅಲ್ಲಲ್ಲಿ ಸುಲಿದಿತ್ತು.

"ಇದು ಕಾರ್ಬಾಲಿಕ್ ಆಸಿಡ್ಡು... ನೀರೇ ಬೆರೆಸಿಲ್ಲ!" ಅವನ ಮುಖದ ಬಣ್ಣ ಹೋಯಿತು. "ಯಾರು ಅದ್ದಿಸಿದ್ದು?"

"ಕೊಟ್ಟೋರು ನೀವು. ನನ್ನ ಕೇಳ್ತೀರಾ?"

"ಚರಂಡಿಗೆ ಹಾಕೋಕೆ ಅಂತ ರಾಮಮ್ಮನವರು ಗಟ್ಟಿ ಔಷಧಾನೇ ಇಸ್ಕೊಂಡು ಹೋದ್ರು. ಶಿವನಾಣೆ, ನಂಗೆ ಗೊತ್ತಿರಲಿಲ್ಲ!"

ಅವನು ಹೊರಗೆ ಬಂದ. ಮುತ್ತಮ್ಮನ ಕೈಯನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಎಣ್ಣೆ ಸವರಿ, ಮೆತ್ತನೆಯ ಬಟ್ಟೆ ಸುತ್ತಿದ. ಗಂಟು ಬಿಗಿಯಾಯಿತೇನೋ ಅಂತ ಎರಡು ಸಲ ಬಿಚ್ಚಿ ಸಡಿಲವಾಗಿ ಕಟ್ಟಿದ. ಅದನ್ನು ಕಂಡ ಸಿದ್ದಲಿಂಗಮ್ಮನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧವನ್ನು ಅವಳು ಬೇಕೆಂದೇ ಉಳಿಸಿಕೊಂಡಳು.

ಅದು ಸಾವಿರದ ಒಂಬೈನೂರ ಹನ್ನೆರಡನೇ ಇಸವಿ. ತಿರುಮಕೂಡಲು ನರಸೀಪುರದಲ್ಲಿ ಪುಣ್ಯಾತ್ಮರೊಬ್ಬರು ಕಟ್ಟಿಸಿಕೊಟ್ಟ ಹೆರಿಗೆ ಆಸ್ಪತ್ರೆ. ಅಲ್ಲಿ ಸುತ್ತಲ ತಾಲ್ಲೂಕಿನ ಹೆಣ್ಣುಮಕ್ಕಳಿಗೆ ಮಿಡ್‌ವೈಫ್ ಕೆಲಸ ಕಲಿಸುತ್ತಿದ್ದರು. ನಂಜನಗೂಡು ತಾಲ್ಲೂಕಿನ ಹೆಡತಲೆಯಿಂದ ಬಂದವಳು ಸಿದ್ದಲಿಂಗಮ್ಮ. ಚಿಕ್ಕಂದಿನಲ್ಲೇ ಮದುವೆಯಾಗಿ, ತಾಳಿ ಕಟ್ಟಿದವನ ಮುಖ ನೆನಪಿಗೆ ಉಳಿಯುವ ಮೊದಲೇ ವಿಧವೆಯಾದವಳು. ಅಣ್ಣ ಒಳ್ಳೆಯವನೇ. ಆದರೂ ಇನ್ನೊಬ್ಬರ ಮನೆಯ ರೊಟ್ಟಿ ತಟ್ಟುತ್ತ ಜನ್ಮ ಸವೆಸಲು ಅವಳಿಗೆ ಇಷ್ಟವಿರಲಿಲ್ಲ. ತನ್ನ ಕೈಯಲ್ಲೊಂದು ಕಸುಬು ಬೇಕು. ಊರೂರಿಗೆ ಹೋಗಿ ತಾಯಿ ಮಗುವನ್ನು ಉಳಿಸಿ ಬರಬೇಕು. ಇದೊಂದೇ ಅವಳ ಆಸೆ.

ಆದರೆ ಆ ಆಸೆಯ ಬೀಗದ ಕೈ ಇದ್ದದ್ದು ಹಿರಿಯ ತರಗತಿಯ ರಾಮಮ್ಮನ ಸೊಂಟದಲ್ಲಿ!

ಪರೀಕ್ಷೆಗೆ ಕೂರಬೇಕಾದರೆ ಪ್ರತಿಯೊಬ್ಬಳೂ ಗೊತ್ತುಪಡಿಸಿದಷ್ಟು ಹೆರಿಗೆಗಳನ್ನು ಸ್ವಂತ ಕೈಯಿಂದ ಮಾಡಿಸಿರಬೇಕು. ನೋವು ಬಂದ ಹೆಂಗಸು ಬಾಗಿಲಿಗೆ ಬಂದಾಗ ಕಿರಿಯರಲ್ಲಿ ಯಾರನ್ನು ಕರೆಯಬೇಕು ಎನ್ನುವುದನ್ನು ಹಿರಿಯರಿಗೇ ಬಿಟ್ಟಿದ್ದರು. ಅವರ ಸೀರೆ ಒಗೆದವಳಿಗೆ, ಕಾಲೊತ್ತಿದವಳಿಗೆ ಕರೆ. ತಲೆಯೆತ್ತಿ ಮಾತಾಡಿದವಳಿಗೆ ಬರೀ ರಕ್ತದ ಬಟ್ಟೆ ಒಗೆಯುವ ಕೆಲಸ. ಹೊಸಬರು ಬಂದಾಗ 'ಕೈ ಶುದ್ಧಿ' ಅಂತ ಒಂದು ಆಟ. ಕಾರ್ಬಾಲಿಕ್‌ನಲ್ಲಿ ಕೈಯಿಟ್ಟುಕೊಂಡು ಪಾಠ ಒಪ್ಪಿಸಬೇಕು, ತಪ್ಪಿದರೆ ಮತ್ತೆ ಮೊದಲಿಂದ. ಸುತ್ತ ನಿಂತವರು ನಗುತ್ತಿದ್ದರು. ಈ ಸಲ ರಾಮಮ್ಮ ನೀರು ಬೆರೆಸುವುದನ್ನೇ ಬಿಟ್ಟಿದ್ದಳು.

ಮರುದಿನ ಶಿವಮಲ್ಲಪ್ಪ ಬಾವಿಕಟ್ಟೆಯಲ್ಲಿ ಸೀಸೆ ತೊಳೆಯುತ್ತಿದ್ದಾಗ ಸಿದ್ದಲಿಂಗಮ್ಮ ಬಿಂದಿಗೆ ಹಿಡಿದು ಬಂದಳು.

"ನಿನ್ನೆ ಬೈದದ್ದು ತೆಪ್ಪಾಯ್ತು ಸ್ವಾಮಿ."

"ಕಟುಕ ಅಂದದ್ದಾ? ಪರವಾಗಿಲ್ಲ ಬಿಡಿ. ನಮ್ಮ ಸುತ್ತೂರಲ್ಲಿ ನಮ್ಮವ್ವ ಇದಕ್ಕಿಂತ ಜೋರಾಗಿ ಬಯ್ತಾಳೆ."

ಅವಳಿಗೆ ನಗು ಬಂತು. ಈ ಆಸ್ಪತ್ರೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು!

"ಡಾಕ್ಟರಮ್ಮನಿಗೆ ಏಳೋಣ ಅಂದ್ರೆ ಬಯ ಆಯ್ತದೆ. ಓದ್ ವರ್ಸ ಸಾಕಮ್ಮ ಅನ್ನೋಳು ಏಳಿದ್ಲಂತೆ. ಡಾಕ್ಟರಮ್ಮ ಎಲ್ಲಾರ್ನೂ ನಿಲ್ಲಿಸ್ಕೊಂಡು, 'ಯಾರು ಒಡೆದೋರು, ತೋರ್ಸು' ಅಂದ್ರಂತೆ. ಎಲ್ಲಾರ ಮುಂದೆ! ಆಮೇಲೆ ಅವಳ್ನ ಒಂದು ಎರಿಗೆಗೂ ಕರೀಲಿಲ್ಲ. ಪರೀಕ್ಷೆ ಕೂಡ ಸಿಗ್ದೆ ಊರಿಗೆ ಓದ್ಲು."

"ಹೆಸರಿಲ್ಲದ ಅರ್ಜಿ ಹಾಕಿದ್ರೆ ಒಲೆಗೆ ಹೋಗುತ್ತೆ," ಶಿವಮಲ್ಲಪ್ಪ ಯೋಚಿಸುತ್ತ ಹೇಳಿದ. "ನಿಮ್ಮ ಹೆಸರಲ್ಲಿ ಹಾಕಿದ್ರೆ ನೀವು ಮನೆಗೆ ಹೋಗ್ತೀರಿ. ನನ್ನ ಹೆಸರಲ್ಲಿ ಹೇಳ್ತೀನಿ. ಚರಂಡಿಗೆ ಅಂತ ಇಸ್ಕೊಂಡ ಔಷಧ ಮನುಷ್ಯರ ಕೈಗೆ ಬಿದ್ದಿದೆ. ಅದು ನನ್ನ ಜವಾಬ್ದಾರಿ, ನಾನು ಹೇಳಲೇಬೇಕು."

"ಯಾರ ಕೈ ಅಂತ ಕೇಳ್ತಾರಲ್ಲ?"

"ಏನನ್ನಲಿ?"

ಸಿದ್ದಲಿಂಗಮ್ಮ ಬಿಂದಿಗೆ ಕೆಳಗಿಟ್ಟಳು. ನಿದ್ದೆಗೆಟ್ಟು ಯೋಚಿಸಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ಎಲ್ಲಾರ ಕೈನೂ ನೋಡಿ ಅನ್ನಿ. ಇರೀರದ್ದೂ ಸೇರಿ. ಸುಲಿದ ಕೈಯಿಂದ ಬಾಣಂತಿಗೆ ನಂಜು ಏರ್ತದೆ ಅಂತ ಅವರೇ ಪಾಠ ಏಳಿಲ್ವಾ? ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೀಲಿ. ಎಲ್ಲಾರ್ಗೂ ಅದೇ ಪ್ರಶ್ನೆ, ಅಷ್ಟೇ ಗಳಿಗೆ. ಏನೂ ಏಳ್ದೋರ್ನೂ ಅಷ್ಟೇ ಒತ್ತು ಕೂರಿಸ್ಕಬೇಕು. ಆಗ ಬಾಗಿಲಾಚೆ ಇರೋರಿಗೆ ಯಾರು ಬಾಯಿ ಬಿಟ್ರು ಅಂತ ಗೊತ್ತಾಗಾಕಿಲ್ಲ. ಮುಖ್ಯ ಇನ್ನೊಂದು... ಎರಿಗೆಗೆ ಕರೆಯೋ ಕೆಲ್ಸ ಇರೀರ ಕೈಯಿಂದ ತೆಗೀಬೇಕು. ಇಲ್ದಿದ್ರೆ ಏಳಿದ್ದೆಲ್ಲ ನಮ್ಮ ಮೇಲೇ ಬರ್ತದೆ."

ಶಿವಮಲ್ಲಪ್ಪ ಸೀಸೆ ತೊಳೆಯುವುದನ್ನೇ ಮರೆತು ಅವಳನ್ನು ನೋಡುತ್ತ ಕೂತ.

"ಏನ್ರೀ ಅಂಗೆ ನೋಡ್ತೀರಾ?"

"ಏನಿಲ್ಲ..." ಅಂದ. ಸುಳ್ಳು! ಅವನ ಎದೆಯಲ್ಲಿ ಆ ಕ್ಷಣಕ್ಕೆ ಏನೆಲ್ಲ ಆಗಿಹೋಗಿತ್ತು.

ಅವಳಿಗೂ ಅಷ್ಟೇ. ತುಂಬಿದ ಬಿಂದಿಗೆ ಎತ್ತಿಕೊಂಡು ಹೋಗುವಾಗ ದಾರಿಯುದ್ದಕ್ಕೂ ನೀರು ಚೆಲ್ಲಿದಳು. 'ನಾಳೆಯೂ ಸೀಸೆ ತೊಳೆಯಲು ಬರುತ್ತಾರಾ?' ಅಂತ ಮನಸ್ಸು ಕೇಳುತ್ತಿತ್ತು.

ಆದರೆ ನಾಳೆ ಅವನು ಬರಲಿಲ್ಲ. ಕಿಟಕಿಯ ಹತ್ತಿರ ಹೋದರೆ ಮುಖ ತಿರುಗಿಸಿಕೊಂಡ. ವರಾಂಡದಲ್ಲಿ ಎದುರಾದರೆ ಕಂಬ ನೋಡುತ್ತ ಸರಿದುಹೋದ.

'ಹೆದರಿದರು,' ಅಂದುಕೊಂಡಳು. 'ಗಂಡಸರ ಧೈರ್ಯವೆಲ್ಲ ಬಾವಿಕಟ್ಟೆವರೆಗೆ ಮಾತ್ರ!'

ಹೆದರಿರಲಿಲ್ಲ. ಆ ದಿನವೇ ಅವನು ಡಾಕ್ಟರ್ ಎಸ್ತರಮ್ಮನ ಮುಂದೆ ನಿಂತು ಎಲ್ಲ ಹೇಳಿದ್ದ.

"ಯಾವ ಹುಡುಗಿ?" ಅಂತ ಅವರು ಕೇಳಿದರು.

"ಎಲ್ಲರ ಕೈ ನೋಡಿ ಅಮ್ಮ. ಹೋದ ವರ್ಷ ಒಬ್ಬಳನ್ನ ಎಲ್ಲರ ಮುಂದೆ ಕೇಳಿದ್ರಿ. ಅವಳು ಈಗ ಎಲ್ಲಿದ್ದಾಳೆ?"

ಎಸ್ತರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ಹೇಗೆ ಮಾಡಬೇಕು, ಹೇಳಪ್ಪ," ಅಂದರು.

ವಾರದೊಳಗೆ ಕೈ ತಪಾಸಣೆ ನಡೆಯಿತು. ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ತನ್ನ ಸರದಿ ಬಂದಾಗ ಸಿದ್ದಲಿಂಗಮ್ಮ ಹೊಸ್ತಿಲಲ್ಲೇ ನಿಂತಳು. ಸುಮ್ಮನಿದ್ದುಬಿಡಲೇ? ತನ್ನ ಕೈ ನೆಟ್ಟಗಿದೆ, ತನಗೇಕೆ ಬೇಕು? ಆದರೆ ಮುತ್ತಮ್ಮ ಅನ್ನ ಕಲಸಲಾರದೆ ಅತ್ತದ್ದು ಕಣ್ಣ ಮುಂದೆ ಬಂತು.

"ನೀನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳು. ಕೇಳಿದ್ದು ಬೇಡ," ಎಸ್ತರಮ್ಮ ಅಂದರು. "ಇದು ಈ ಕೋಣೆ ದಾಟೋದಿಲ್ಲ."

ಹೇಳಿದಳು. ಯಾರು ಅದ್ದಿಸಿದರು, ಯಾರು ನಕ್ಕರು, ಯಾರ ಸೀರೆ ಯಾರು ಒಗೆದರು... ಎಲ್ಲ.

ಮುತ್ತಮ್ಮ ಹೆದರಿ, "ಬಿಸಿನೀರು ಬಿತ್ತು" ಅಂದಳಂತೆ. ಆದರೆ ಉಳಿದ ಕಿರಿಯರ ಮಾತು ಒಂದಕ್ಕೊಂದು ತಾಳೆಯಾಯಿತು. ಹಿರಿಯರಲ್ಲೇ ಒಬ್ಬಳು ಅತ್ತು ಒಪ್ಪಿಕೊಂಡಳು. ರಾಮಮ್ಮನ ಸರ್ಟಿಫಿಕೇಟನ್ನು ಆರು ತಿಂಗಳು ತಡೆಹಿಡಿದರು. ಹೆರಿಗೆಗೆ ಯಾರ ಪಾಳಿ ಎನ್ನುವುದನ್ನು ಡಾಕ್ಟರಮ್ಮನೇ ಬರೆದು ಗೋಡೆಗೆ ಅಂಟಿಸಿದರು. ಪರೀಕ್ಷೆ ಮಾಡಲು ಹೊರಗಿನ ಡಾಕ್ಟರ್ ಬರುವುದೆಂದು ತೀರ್ಮಾನವಾಯಿತು. "ಯಾರು ಹೇಳಿದ್ದು ಅಂತ ಯಾರಾದರೂ ಕೆದಕಿದರೆ ಅವರೇ ನನಗೆ ಉತ್ತರ ಕೊಡಬೇಕಾಗುತ್ತೆ," ಅಂತ ಎಚ್ಚರಿಕೆಯನ್ನೂ ಕೊಟ್ಟರು.

ರಾಮಮ್ಮ ಆದರೂ ಸುಮ್ಮನಿರಲಿಲ್ಲ. ಒಂದು ಬೆಳಿಗ್ಗೆ ಔಷಧದ ಕಿಟಕಿಯ ಮುಂದೆ ಸಾಲಿನಲ್ಲಿ ಸಿದ್ದಲಿಂಗಮ್ಮ ನಿಂತಿದ್ದಾಗಲೇ ದನಿಯೆತ್ತಿದಳು.

"ಏನ್ರೀ ಕಾಂಪೌಂಡರೇ, ಈ ಹೆಡತಲೆಯವಳು ತಾನೇ ನಿಮ್ಮ ಕಿವಿ ಊದಿದ್ದು?"

ಶಿವಮಲ್ಲಪ್ಪ ತಲೆಯೆತ್ತಿ ಸಿದ್ದಲಿಂಗಮ್ಮನನ್ನು ಕಲ್ಲು ನೋಡಿದ ಹಾಗೆ ನೋಡಿದ.

"ಯಾರಮ್ಮ ಇವರು? ಇಲ್ಲಿಗೆ ಬರೋರ ಮುಖವೆಲ್ಲ ನೆನಪಿಟ್ಕೊಳ್ಳೋಕೆ ನಂಗೆ ಪುರುಸೊತ್ತಿಲ್ಲ. ಮುಂದೆ ಬನ್ನಿ, ಸೀಸೆ ಕೊಡಿ."

ರಾಮಮ್ಮ ಪೆಚ್ಚಾಗಿ ಹೋದಳು. ಸಿದ್ದಲಿಂಗಮ್ಮ ಕೊಟ್ಟಿಗೆಯ ಹಿಂದೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. 'ನನ್ನ ಮುಖವೂ ನೆನಪಿಲ್ಲವಂತೆ! ನಾನೋ, ಇವರ ಹೆಜ್ಜೆ ಸದ್ದೂ ಗುರುತು ಹಿಡಿಯುತ್ತೇನೆ...'

ಅತ್ತರೂ ಕಲಿತಳು. ತನ್ನ ಪಾಳಿ ಬಂದಾಗಲೆಲ್ಲ ಓಡಿಹೋದಳು. ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗಿ ನಂಜನಗೂಡಿಗೇ ಮಿಡ್‌ವೈಫ್ ಆಗಿ ಹೋದಳು. ಕಪಿಲಾ ಹೊಳೆಯ ಬೀದಿಯಲ್ಲಿ ಪುಟ್ಟ ಮನೆ. "ಮಿಡ್‌ವೈಫಮ್ಮ" ಅಂತ ಜನ ಕೈ ಮುಗಿಯುತ್ತಿದ್ದರು. ಎಲ್ಲ ಇತ್ತು. ಸಂಜೆಯ ಹೊತ್ತು ಮಾತ್ರ ಏನೋ ಇಲ್ಲ ಅನ್ನಿಸುತ್ತಿತ್ತು.

ಅಂಥದ್ದೇ ಒಂದು ಸಂಜೆ ಜಗಲಿಯ ಮುಂದೆ ಶಿವಮಲ್ಲಪ್ಪ ಬಂದು ನಿಂತ!

ಅವಳು ದಿಗ್ಗನೆ ಎದ್ದು ನಿಂತಳು. ಮುಖ ಮಾತ್ರ ಗಂಟಿಕ್ಕಿತು.

"ಯಾರು ನೀವು? ಮುಖ ನೆನಪಿಲ್ಲ."

"ಬೈಯಿರಿ. ಅದಕ್ಕೇ ಬಂದಿದ್ದೀನಿ."

"ಆವತ್ತು ಅಂಗ್ಯಾಕಂದ್ರಿ?" ಅವಳು ಕೇಳಿದಳು.

"ದೂರು ಕೊಟ್ಟೋನು ನಾನು. ನನ್ನ ಜೊತೆ ನೀವು ಒಂದು ಮಾತಾಡಿದ್ದು ಕಂಡಿದ್ರೂ ಸಾಕಾಗಿತ್ತು, ಹೇಳಿಸಿದ್ದು ನೀವೇ ಅಂತ ಗೊತ್ತಾಗೋದು. ಡಾಕ್ಟರಮ್ಮ ಎಷ್ಟು ಕಡೆ ಕಾವಲಿರೋಕೆ ಆಗುತ್ತೆ? ಒಗೆಯೋ ಕಲ್ಲಿನ ಹತ್ರ, ಊಟದ ಮನೇಲಿ..."

"ನಂಗಾರ ಏಳ್ಬೋದಿತ್ತಲ್ಲ!"

"ಹೇಳಿದ್ರೆ ನೀವು ನಗ್ತಿದ್ರಿ. ನಿಮ್ಮ ಮುಖಕ್ಕೆ ಸುಳ್ಳು ಬರೋದಿಲ್ಲ ಕಣ್ರೀ. ಸರ್ಟಿಫಿಕೇಟು ನಿಮ್ಮ ಕೈ ಸೇರೋವರೆಗೆ ಬಾಯಿ ಬಿಡಬಾರದು ಅಂತ ಶಪಥ ಮಾಡಿದ್ದೆ."

"ಅಷ್ಟು ದಿನ ನಾನು ಅತ್ತಿದ್ದಕ್ಕೆ ಯಾರು ಒಣೆ?"

"ನಾನೇ." ಅವನು ತಲೆ ತಗ್ಗಿಸಿದ. "ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ನಿಮ್ಮ ಪಾಡು, ನಾನೊಬ್ಬನೇ ತೀರ್ಮಾನ ಮಾಡ್ಬಿಟ್ಟೆ."

ಸಿಟ್ಟನ್ನು ಹಿಡಿದಿಟ್ಟುಕೊಳ್ಳಲು ಅವಳು ಬಹಳ ಹೆಣಗಿದಳು. ಆಗಲಿಲ್ಲ. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು, ಎರಡೂ ಒಟ್ಟಿಗೇ ಬಂದವು.

"ಬನ್ನಿ, ಕೂತ್ಕಳಿ."

ಅವನು ಜಗಲಿಯ ತುದಿಯಲ್ಲಿ ಕೂತ. ಅವರ ಜನರಲ್ಲಿ ವಿಧವೆ ಮತ್ತೆ ಮದುವೆಯಾಗಲು ತಡೆಯೇನಿರಲಿಲ್ಲ. ಆದರೂ ಅವನಿಗೆ ಮಾತು ಹೊರಡಲು ಒಂದು ಲೋಟ ನೀರು ಪೂರ್ತಿ ಬೇಕಾಯಿತು.

"ನಾಳೆ ಹೆಡತಲೆಗೆ ಹೋಗಿ ನಿಮ್ಮಣ್ಣನ್ನ ಕೇಳೋಣ ಅಂತಿದ್ದೀನಿ."

"ಏನಂತ?"

"ನಿಮ್ಮ ತಂಗೀನ ನಂಗೆ ಕೊಡ್ತೀರಾ ಅಂತ."

"ಕಸುಬು ಬಿಡಾಕಿಲ್ಲ ನಾನು. ಬದನವಾಳಿಂದ ಎರಿಗೆಗೆ ಅಂತ ಗಾಡಿ ಬಂದ್ರೆ ಉಣ್ಣೋ ಅನ್ನ ಬಿಟ್ಟು ಎದ್ದೋಯ್ತೀನಿ."

"ಆ ಅನ್ನ ಆರದ ಹಾಗೆ ಮುಚ್ಚಿಡೋದು ನಂಗೆ ಬರುತ್ತೆ."

ಸಿದ್ದಲಿಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ನಮ್ಮಣ್ಣ ನಿಮ್ಮನ್ನ ನೋಡಿ, 'ನನ್ನ ಕೇಳಿ ಏನು, ಅವಳನ್ನೇ ಕೇಳ್ರಪ್ಪ' ಅಂತಾನೆ."

"ಅವಳನ್ನ ಕೇಳಿದ್ರೆ?"

"ಕೇಳಿ ನೋಡಿ."

"ಕೇಳ್ತಾ ಇದ್ದೀನಿ, ಸಿದ್ದಲಿಂಗಮ್ಮ..."

ಅವನ ಬಾಯಲ್ಲಿ ತನ್ನ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು.

"ಹೂಂ," ಅಂದಳು.