ತಿರುಗಿ ನಿಂತ ಬೂಟುಗಳು

ಕುಂಬಳಕಾಯಿ ಕಳ್ಳ ಎಂದರೆ ಚಪ್ಪಲಿ ಮುಟ್ಟಿ ನೋಡಿಕೊಂಡನಂತೆ. ಗಾದೆ ಹಾಗಲ್ಲ, ಅದು ಹೆಗಲು ಎಂದು ತಿದ್ದಲು ಬರಬೇಡಿ. ಇದು ನಡೆದ ಕಥೆ. ಇದರಲ್ಲಿ ಹೆಗಲಿಗೆ ಕೆಲಸವೇ ಇಲ್ಲ.

ಖಾನಕಾದಲ್ಲಿ ಬೆಳಗಿನ ಪ್ರಾರ್ಥನೆ ಮುಗಿದಿತ್ತಷ್ಟೆ. ಖಾನಕಾ ಎಂದರೆ ಸೂಫಿ ಗುರು ಶಿಷ್ಯರೊಡನೆ ಬಾಳುವ, ದಾರಿಹೋಕರಿಗೂ ಊಟ ಹಾಕುವ ಮಠದಂಥ ಮನೆ. ಅದರ ಅತಿಥಿ ಕೋಣೆಯಿಂದ ಕೂಗು ಎದ್ದಿತು.

"ಫಲಕ ಇಲ್ಲ! ಯಾರೋ ಕದ್ದುಬಿಟ್ಟಿದಾರೆ!"

ಕೂಗಿದವರು ಇತಿಹಾಸದ ಪ್ರೊಫೆಸರ್. ಕಾಣೆಯಾದದ್ದು ಅವರು ಬರೆಸಿ ತಂದಿದ್ದ ತೆಳು ಹಿತ್ತಾಳೆ ಫಲಕ. ಹನ್ನೊಂದಕ್ಕೆ ಅದರ ಅನಾವರಣ. "ಈ ಮನೆಯ ಮೂಲಗುರು ಒಂದೇ ದಿನ ಹತ್ತು ಸಾವಿರ ಜನರನ್ನು ತಮ್ಮ ಧರ್ಮಕ್ಕೆ ತಂದರು" ಎಂದು ಅದರ ಮೇಲೆ ಕೊರೆಸಿತ್ತು.

ಸಮಾರಂಭದ ನಿರೂಪಣೆಗೆ ಬಂದಿದ್ದವನು ಗಿಳಿ. ಕಾಲೇಜಿನಲ್ಲಿ ಪಾಠ ಹೇಳುವವನು. ಯಾರ ದನಿಯನ್ನಾದರೂ ಅಣಕಿಸಬಲ್ಲವನಾದ್ದರಿಂದ ಆ ಹೆಸರು. ಜೊತೆಗೆ ಅವನ ಸೋದರತ್ತೆ, ಪೊಲೀಸ್ ಇಲಾಖೆಯಿಂದ ನಿವೃತ್ತರು. ಇಲಾಖೆ ಅವರನ್ನು ಬಿಟ್ಟಿತ್ತು, ಅವರು ಇಲಾಖೆಯನ್ನು ಬಿಟ್ಟಿರಲಿಲ್ಲ.

"ಕಳ್ಳಿ ಯಾರಂತ ನಂಗೊತ್ತು," ಎಂದರು ಪ್ರೊಫೆಸರ್. ಬೆರಳು ಸಮಾರಂಭಕ್ಕೆ ಬಂದಿದ್ದ ಮ್ಯೂಸಿಯಂನ ಕ್ಯುರೇಟರ್ ಮೇಡಂ ಕಡೆಗಿತ್ತು. "ನಿನ್ನೆ ಊಟದ ಹೊತ್ತಲ್ಲಿ ಎಲ್ಲರೆದುರಿಗೇ ಹೇಳಿದ್ರಲ್ಲ, ಈ ಫಲಕ ಗೋಡೆ ಏರಲ್ಲ ಅಂತ?"

"ಹೇಳಿದೆ. ಸುಳ್ಳನ್ನ ಹಿತ್ತಾಳೇಲಿ ಕೊರೆದ್ರೂ ಸುಳ್ಳೇ ಅಂತಾನೂ ಹೇಳಿದೆ. ಕದ್ದಿಲ್ಲ."

"ಹನ್ನೊಂದರ ಒಳಗೆ ಸಿಗದಿದ್ರೆ ಪೊಲೀಸ್ ಕಂಪ್ಲೇಂಟು. ಸಂಜೆಗೆ ನಿಮ್ಮ ಕೆಲಸಾನೂ ಹೋಗಿರುತ್ತೆ. ಮ್ಯೂಸಿಯಂ ಸಮಿತಿ ಅಧ್ಯಕ್ಷ ನಾನೇ, ನೆನಪಿರಲಿ!"

ಮೇಡಂ ಮುಖ ಬಿಳುಚಿತು. ಗಿಳಿಗೆ ಅವಳು ಅಕ್ಕನ ಸಹಪಾಠಿ. ಆ ಒಂದು ಸಂಬಳದಲ್ಲಿ ಎರಡು ಮನೆ ನಡೆಯುವುದು ಅವನಿಗೆ ಗೊತ್ತಿತ್ತು.

"ಅತ್ತೆ, ಏನಾದ್ರೂ ಮಾಡಿ."

"ಮಾಡೋಣ. ಮೊದಲು ಬಾಯಿಗೆ ಬಾಗಿಲು ಹಾಕು, ಆಮೇಲೆ ಬಾಗಿಲಲ್ಲಿ ಏನಿದೆ ನೋಡೋಣ."

ಬಾಗಿಲಲ್ಲಿದ್ದದ್ದು ಪಾದರಕ್ಷೆಗಳ ಸಾಲು. ಎಲ್ಲದರ ಮೂತಿ ಮನೆಯೊಳಕ್ಕೆ. ಪ್ರೊಫೆಸರರ ಕಂದು ಬೂಟುಗಳದು ಮಾತ್ರ ಬೀದಿಗೆ.

"ನೋಡಿ, ಇದು ಮರ್ಯಾದೆ ಅಂದ್ರೆ," ಎಂದು ಪ್ರೊಫೆಸರ್ ಬೀಗಿದರು. "ಸಲೀಸಾಗಿ ಕಾಲು ತೂರಿಸಲಿ ಅಂತ ಯಾರೋ ತಿರುಗಿಸಿಟ್ಟಿದಾರೆ."

ಅತ್ತೆ ಬಾಗಿಲು ಕಾಯುವ ಅಜ್ಜನತ್ತ ತಿರುಗಿದರು.

"ರಾತ್ರಿ ಹೊರಗಿನಿಂದ ಯಾರಾದ್ರೂ ಬಂದ್ರಾ?"

"ಇಲ್ಲಮ್ಮ."

"ಒಳಗಿನಿಂದ ಏನಾದ್ರೂ ಹೊರಗೆ ಹೋಯ್ತಾ?"

"ಒಂದು ಸೂಜೀನೂ ಹೋಗಿಲ್ಲ."

"ಚಪ್ಪಲಿ ಜೋಡಿಸೋರು?"

"ನಾನೇ. ಪ್ರಾರ್ಥನೆಗೆ ಮೊದಲು ದಿನಾ ಸರಿ ಮಾಡ್ತೀನಿ."

"ಇವತ್ತು ಎಲ್ಲಾನೂ ಸರಿ ಮಾಡಿದ್ರಾ?"

ಅಜ್ಜ ಚಾವಣಿಯ ತೊಲೆ ನೋಡಿದ. "ಸರಿ ಮಾಡಬೇಕಾದ್ದನ್ನೆಲ್ಲ ಮಾಡಿದೀನಿ."

ಮುಂದಿನ ಸರದಿ ಹಿಂದಿನ ಗುರುಗಳ ಮಗನದು. ಸೊಂಟದಲ್ಲಿ ಬೀಗದ ಕೈ ಗೊಂಚಲು.

"ನಿಮ್ಮ ತಂದೆಯ ಜಾಗ ನಿಮಗ್ಯಾಕೆ ಸಿಗಲಿಲ್ಲ?"

"ರಕ್ತಕ್ಕೆ ಗೋರಿ, ಪರಂಪರೆಗೆ ಗಾದಿ. ಮೂಲಗುರುವಿನ ಗೋರಿಯ ಬೀಗ, ಅಲ್ಲಿನ ಕಾಣಿಕೆ ನಂದು. ಶಿಷ್ಯರನ್ನ ಮಾಡ್ಕೊಳ್ಳೋ ಅನುಮತಿ, ತೇಪೆಯ ನಿಲುವಂಗಿ ಅಪ್ಪ ತಮ್ಮ ಖಲೀಫನಿಗೆ, ಅಂದ್ರೆ ಸಾಧನೆ ಮುಗಿಸಿದ ಶಿಷ್ಯನಿಗೆ ಕೊಟ್ಟರು. ಅವರೇ ಈಗಿನ ಗುರುಗಳು. ಕೆಲವು ಮನೆಗಳಲ್ಲಿ ಎರಡೂ ಮಗನಿಗೇ ಬರುತ್ತೆ. ನಮ್ಮಲ್ಲಿಲ್ಲ."

"ಹೊಟ್ಟೆಕಿಚ್ಚು?"

"ಇತ್ತು. ಆದ್ರೆ ಹತ್ತು ಸಾವಿರ ಅಂತ ಫಲಕ ಹಾಕಿದ್ರೆ ಜನ ಜಾಸ್ತಿ, ಕಾಣಿಕೆ ಜಾಸ್ತಿ. ನಾನ್ಯಾಕೆ ಕದೀಲಿ?"

ನಡುಮನೆಯಲ್ಲಿ ಗುರುಗಳು ಕುರಿಚರ್ಮದ ಆಸನದ ಮೇಲೆ ಕೂತಿದ್ದರು. ಈ ಮನೆಯ ಗಾದಿ ಎಂದರೆ ಅದೇ. ನಿನ್ನೆ ಹೊರೆಯಾಳು ಬಂದರೂ ಎದ್ದು ನಿಂತಿದ್ದವರು ಇಂದು ಪ್ರೊಫೆಸರ್ ಒಳಬಂದರೂ ಏಳಲಿಲ್ಲ.

"ಕ್ಷಮಿಸಿ, ಮಂಡಿ," ಎಂದರು.

ಅಲ್ಲೇ ಇತಿಹಾಸದ ಕುಸ್ತಿ ಶುರುವಾಯಿತು.

"ನನ್ನ ಹತ್ರ ಆಧಾರ ಇದೆ. ಮೂಲಗುರುವಿನ ಜೀವನಚರಿತ್ರೆ!" ಎಂದರು ಪ್ರೊಫೆಸರ್.

"ಅವರು ತೀರಿಕೊಂಡ ಮುನ್ನೂರು ವರ್ಷದ ಮೇಲೆ ಬರೆದಿದ್ದು," ಎಂದಳು ಮೇಡಂ. "ಅವರ ಕಾಲದಲ್ಲೇ ಶಿಷ್ಯರು ಬರೆದಿಟ್ಟ ಮಾತುಕತೇಲಿ ಧ್ಯಾನ ಇದೆ, ಹಸಿವಿದೆ, ಅಡುಗೆಮನೆ ಜಗಳಾನೂ ಇದೆ. ಹತ್ತು ಸಾವಿರ ಇಲ್ಲ."

"ಹಾಗಾದ್ರೆ ಈ ಸುತ್ತಿನ ಊರುಗಳು ಹೇಗೆ ಬದಲಾದ್ವು? ಸಮಾನತೆಯ ಬೋಧನೆ ಕೇಳಿ ಜನ ಬಂದ್ರು!"

"ಕೆಲವರು ಬಂದಿರಬಹುದು. ಬೋಧಿಸಿದ ಸೂಫಿಗಳೂ ಇದ್ರು, ಇಲ್ಲ ಅನ್ನಲ್ಲ. ಆದ್ರೆ ಇಲ್ಲಿ ಆಗಿದ್ದು ನಿಧಾನಕ್ಕೆ. ಗೋರಿ ಬಂತು, ಅದಕ್ಕೆ ರಾಜ ಭೂಮಿ ಬಿಟ್ಟ, ಕಾಡು ಕಡಿದು ಉತ್ತವರು ಹರಕೆಗೆ ಬಂದ್ರು, ಮೊಮ್ಮಕ್ಕಳಿಗೆ ಹೊಸ ಹೆಸರಿಟ್ಟರು. ಬದುಕಿದ್ದ ಗುರುವಿಗಿಂತ ಸತ್ತ ಗುರುವಿನ ಕೆಲಸವೇ ಜಾಸ್ತಿ."

"ರಾಜರ ಜಮೀನೇ ಬೇಡ ಅಂದ ಪಂಥಗಳೂ ಇವೆ!"

"ಇವೆ. ಅದಕ್ಕೇ ಎಲ್ಲಾ ಸೂಫಿಗಳಿಗೂ ಒಂದೇ ಫಲಕ ಹೊಡೀಬಾರದು."

ಗುರುಗಳು ಮೆಲ್ಲಗೆ ಕೇಳಿದರು, "ಸರ್, ನಮ್ಮಲ್ಲಿ ಶಿಷ್ಯ ಆಗೋದು ಹೇಗೆ ಗೊತ್ತಾ? ಒಬ್ಬೊಬ್ಬರಾಗಿ ಬಂದು ಗುರುವಿನ ಕೈಗೆ ಕೈ ಕೊಡಬೇಕು. ನನ್ನ ಕೈ ನನ್ನ ಗುರುವಿನ ಕೈಯಲ್ಲಿ, ಅವರದು ಅವರ ಗುರುವಿನ ಕೈಯಲ್ಲಿ. ಈ ಸರಪಳಿ ಪ್ರವಾದಿಗಳವರೆಗೂ ಹೋಗುತ್ತೆ ಅಂತ ನಮ್ಮ ನಂಬಿಕೆ. ಒಂದೇ ದಿನ ಹತ್ತು ಸಾವಿರ ಕೈ ಹಿಡಿದ್ರೆ ಮೂಲಗುರುವಿನ ತೋಳು ಉಳೀತಿತ್ತಾ?"

"ದೊಡ್ಡ ಗುಂಪಿಗೆ ರುಮಾಲು ಚಾಚಿ ಹಿಡಿಸ್ತಿದ್ರು!"

"ಹಿಡಿಸ್ತಿದ್ರು. ಆದ್ರೂ ಶಿಷ್ಯನಾಗೋದು ಬೇರೆ, ಧರ್ಮ ಬದಲಿಸೋದು ಬೇರೆ. ಆಚೆ ಬೀದಿಯವರು ತಲೆಮಾರಿನಿಂದ ಗೋರಿಗೆ ಬರ್ತಾರೆ, ನಮ್ಮ ಜೊತೆ ಉಣ್ತಾರೆ, ತಮ್ಮ ದೇವರನ್ನೇ ಪೂಜಿಸ್ತಾರೆ. ಫಲಕದ ಸುದ್ದಿ ಕೇಳಿದ ಮೇಲೆ ಬಂದಿಲ್ಲ. ನಮ್ಮ ಹಂಡೇಲಿ ಊಟ ಮಿಗ್ತಾ ಇದೆ."

ಅತ್ತೆಯ ಕಣ್ಣು ಮಿನುಗಿತು. ಗಿಳಿಗೆ ಆ ಮಿನುಗು ಗೊತ್ತು. ಅದು ಬಂದ ಮೇಲೆ ಯಾರಿಗೋ ಬೆವರುವುದು ಖಾತ್ರಿ.

"ಪ್ರೊಫೆಸರ್ ಸಾಹೇಬ್ರೇ, ಚಪ್ಪಲಿಗಳ ಮೂತಿ ಒಳಗ್ಯಾಕಿದೆ?"

"ಹೋಗುವಾಗ ಹೊಸ್ತಿಲಿಗೆ ಬೆನ್ನು ತೋರಿಸದೆ ಹಿಂದೆ ಹಿಂದೆ ನಡೀಬೇಕಲ್ಲ? ಈ ಪಂಥದ ರೀತಿ ರಿವಾಜಿನ ಮೇಲೆ ಒಂದು ಅಧ್ಯಾಯಾನೇ ಬರೆದಿದೀನಿ!"

"ಮೂತಿ ಹೊರಗೆ ತಿರುಗಿಸಿದ್ರೆ?"

"ಅದು ಗಡೀಪಾರು! ಬಾಯಿಬಿಟ್ಟು ಹೇಳಲ್ಲ, ಪಾದರಕ್ಷೆ ತಿರುಗಿಸಿಡ್ತಾರೆ. ಅರ್ಥ ಏನಪ್ಪಾ ಅಂದ್ರೆ, ಇನ್ನು ನೀವು..."

ಅಲ್ಲಿಗೆ ಪ್ರೊಫೆಸರರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು.

"ಹೊರಡಿ ಅಂತ," ಎಂದರು ಅತ್ತೆ. "ಮರ್ಯಾದೆ ಅಂದ್ಕೊಂಡ್ರಿ. ಇನ್ನೊಂದನ್ನ ಎಲ್ಲರೂ ಮರೆತ್ರಿ. ಮೇಡಂ ತಿರುಗಿಸಿದ್ರೆ ಬೆಳಗ್ಗೆ ಅಜ್ಜ ನೆಟ್ಟಗೆ ಮಾಡ್ತಿದ್ದ. ಬೀಗದ ಯಜಮಾನರು ತಿರುಗಿಸಿದ್ರೂ ಅಷ್ಟೇ. ಸಾಲನ್ನೆಲ್ಲ ಜೋಡಿಸಿದ ಕೈ ಒಂದು ಜೊತೆ ಬೂಟು ಮಾತ್ರ ಮುಟ್ಟಲಿಲ್ಲ. ಯಾಕೆ? ಯಾರಪ್ಪಣೆ ಮೀರೋಕೆ ಅಜ್ಜನಿಂದ ಆಗಲ್ಲ? ಈ ಮನೇಲಿ ಒಬ್ಬರದೇ. ಫಲಕ ಮನೆ ದಾಟಿಲ್ಲ. ಮತ್ತೆ, ನಿನ್ನೆ ಇಲ್ಲದ ಮಂಡಿ ನೋವು ಇವತ್ತು ಹೇಗೆ ಬಂತು? ಗುರುಗಳೇ, ದಯವಿಟ್ಟು ಏಳ್ತೀರಾ?"

ಗುರುಗಳು ಮಗುವಿನಂತೆ ನಕ್ಕು ಎದ್ದರು. ಗಿಳಿ ಕುರಿಚರ್ಮ ಎತ್ತಿದ. ಹತ್ತು ಸಾವಿರವೂ ಅಡಿಯಲ್ಲಿ ಬೆಚ್ಚಗೆ ಮಲಗಿತ್ತು.

"ಅತಿಥಿಗೆ ಬಾಯಲ್ಲಿ ಇಲ್ಲ ಅನ್ನೋ ಪದ್ಧತಿ ನಮ್ಮಲ್ಲಿಲ್ಲ," ಎಂದರು ಗುರುಗಳು. "ಅಧ್ಯಾಯ ಬರೆದೋರು, ಬೂಟು ನೋಡಿದ ಕೂಡಲೇ ಅರ್ಥ ಆಗುತ್ತೆ ಅಂದ್ಕೊಂಡೆ. ತಪ್ಪಾಯ್ತು. ಮಗಳೇ, ಕಂಪ್ಲೇಂಟಿನ ಮಾತು ಬಂದಾಗಲೇ ನಾನು ಏಳಬೇಕಿತ್ತು. ನೀನೂ ಕ್ಷಮಿಸು."

ಗಿಳಿಗೆ ತಡೆಯಲಾಗಲಿಲ್ಲ. ಥೇಟ್ ಪ್ರೊಫೆಸರರ ದನಿಯಲ್ಲಿ ಎಂದ: "ನೋಡಿ, ಇದು ಮರ್ಯಾದೆ ಅಂದ್ರೆ!"

ಪ್ರೊಫೆಸರರ ಮೀಸೆ ನಡುಗಿತು. ಹೊಟ್ಟೆ ಕುಲುಕಿತು. ಆಮೇಲೆ ಹೊರಟ ನಗೆಗೆ ಅಡುಗೆಮನೆಯ ತಟ್ಟೆಗಳು ಝಣಗುಟ್ಟಿದವು.

"ಮೇಡಂ," ಎಂದರು ಕಣ್ಣೊರೆಸಿಕೊಳ್ಳುತ್ತ, "ಕಂಪ್ಲೇಂಟು ವಾಪಸ್, ನನ್ನ ಬೈಗುಳವೂ ವಾಪಸ್. ಈ ಫಲಕದ ಹಿಂಬದಿ ಖಾಲಿ ಇದೆ. ಏನು ಬರೆಯೋಣ?"

"ಊಟ ಎಷ್ಟು ಹೊತ್ತಿಗೆ ಅಂತ ಬರೀರಿ, ಸರ್. ಆಚೆ ಬೀದಿಯವರಿಗೆ ಬೇಕಾಗಿರೋದು ಅದು."

ಹೊರಡುವಾಗ ಬೂಟುಗಳ ಮೂತಿ ಒಳಕ್ಕೆ ತಿರುಗಿತ್ತು. ಪ್ರೊಫೆಸರ್ ಅವುಗಳಲ್ಲಿ ಕಾಲು ತೂರಿಸಿ, ತಮ್ಮ ಅಧ್ಯಾಯದಲ್ಲಿ ಬರೆದಂತೆಯೇ ಹಿಂದೆ ಹಿಂದೆ ನಡೆದರು. ಬಾಗಿಲಜ್ಜನಿಗೆ ಡಿಕ್ಕಿ ಹೊಡೆದು ಇಬ್ಬರೂ ಮೆಟ್ಟಿಲ ಮೇಲೆ ಕೂತುಬಿಟ್ಟರು. ಎಲ್ಲರೂ ನಕ್ಕರು. ಬೀದಿಯ ತುದಿಯವರೆಗೂ ಕೇಳಿದ್ದು ಮಾತ್ರ ಪ್ರೊಫೆಸರರ ನಗೆ.