ಮಾತ್ರೆಗೆ ನಿಮ್ಮ ಹೆಸರು ಗೊತ್ತಿಲ್ಲ

ಹುಳುಮನೆಯಲ್ಲಿ ವರಲಕ್ಷ್ಮಿ ಒಬ್ಬಳೇ ಇದ್ದಳು. ಹಣ್ಣಾದ ರೇಷ್ಮೆಹುಳುಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ತಟ್ಟಿಯಾದ ಚಂದ್ರಿಕೆಯ ಸುರುಳಿಗಳ ನಡುವೆ ಬಿಡುತ್ತಿದ್ದಳು. ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಹಳದಿಗೆ ತಿರುಗಿದ ಹುಳುಗಳು. ಇನ್ನು ಅವು ಗೂಡು ಕಟ್ಟಬೇಕು. ಈ ಕೆಲಸಕ್ಕೆ ಮಾತು ಬೇಕಿಲ್ಲ. ಅದಕ್ಕೇ ಅವಳಿಗೆ ಇದು ಇಷ್ಟ.

ಇದ್ದಕ್ಕಿದ್ದಂತೆ ಮಲ್ಲಿಗೆಯಂಥದ್ದೊಂದು ಘಾಟು ಮೂಗಿಗೆ ಬಡಿಯಿತು.

ತಿರುಗಿ ನೋಡಿದರೆ ಬಾಗಿಲಲ್ಲಿ ಒಬ್ಬ ಯುವಕ! ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ.

"ಸೆಂಟ್ ಹಾಕ್ಕೊಂಡು ಬಂದಿದ್ದೀರಾ? ಆಚೆ ಹೋಗಿ! ಹೋಗಿ ಮೊದ್ಲು!"

ಅಷ್ಟು ಗಟ್ಟಿಯಾಗಿ ತಾನೇ ಕೂಗಿದೆನಾ ಎಂದು ಅವಳಿಗೇ ಆಶ್ಚರ್ಯವಾಯಿತು.

"ಸಾರಿ, ಗೊತ್ತಿರ್ಲಿಲ್ಲ..." ಅವನು ಹಿಂದೆ ಸರಿಯುವಾಗ ಹೊಸ್ತಿಲು ಎಡವಿ ಅಂಗಳದಲ್ಲಿ ಕುಕ್ಕರುಬಡಿದ.

ಹೊರಗೆ ಸೊಪ್ಪು ಕತ್ತರಿಸುತ್ತಿದ್ದ ಅವಳ ತಾಯಿ ಸುಬ್ಬಲಕ್ಷ್ಮಮ್ಮ, "ಅಯ್ಯೋ ದೇವುಡಾ! ಯಾರಪ್ಪಾ ನೀನು? ಹುಳಕ್ಕೆ ವಾಸನೆ ಆಗಲ್ಲ ಕಣಪ್ಪಾ. ಮದುವೆಗೆ ಹೊರಟೋನ ಥರ ಬಂದಿದ್ದೀಯಲ್ಲ!" ಎಂದರು.

ಅವನು ಕೇಶವ್. ಚಿಕ್ಕಬಳ್ಳಾಪುರದ ಒಂದು ಖಾಸಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಪಾಠಕ್ಕೆ ಹುಳು ಬೇಕೆಂದು ಶಿಡ್ಲಘಟ್ಟದ ಬಸ್ ಹಿಡಿದು, ವಿಚಾರಿಸುತ್ತಾ ಈ ಹಳ್ಳಿಗೆ ಬಂದಿದ್ದ.

ವರಲಕ್ಷ್ಮಿ ನಾಲ್ಕಾರು ಹುಳು ಅವನ ಡಬ್ಬಿಗೆ ಹಾಕಿದಳು. ಅವನು ಹೋದ ಮೇಲೂ ಆ ಘಾಟು ಅಂಗಳದಲ್ಲೇ ಇತ್ತು. ಯಾಕೋ, ಅವಳಿಗೆ ಅದು ಕೆಟ್ಟದೆನಿಸಲಿಲ್ಲ...

ಮುಂದಿನ ವಾರ ಅವನು ಮತ್ತೆ ಬಂದ. ಈ ಸಲ ಸೆಂಟ್ ಇರಲಿಲ್ಲ. ಕೈಯಲ್ಲಿ ಕಾಗದದಂತೆ ಚಪ್ಪಟೆಯಾದ, ಹೊಳೆಯುವ ರೇಷ್ಮೆಯ ಹಾಳೆಯೊಂದಿತ್ತು.

"ನಿಮ್ಮ ಹುಳಗಳೇ ಮಾಡಿದ್ದು. ಗಾಜಿನ ಮೇಲೆ ಬಿಟ್ಟಿದ್ದೆ, ಹಿಡ್ಕೊಳ್ಳೋಕೆ ಮೂಲೆ ಇಲ್ಲ. ಗೂಡು ಬರ್ಲೇ ಇಲ್ಲ, ಹಾಳೆ ಬಂತು! ಹುಳಕ್ಕೆ ಗೂಡಿನ ನಕ್ಷೆ ಗೊತ್ತಿಲ್ಲ ರೀ. ಎಂಟರ ಆಕಾರದಲ್ಲಿ ತಲೆ ಅಲ್ಲಾಡ್ಸುತ್ತೆ, ನೂಲು ಬಿಡುತ್ತೆ, ಅಷ್ಟೇ. ಗೂಡು ಅಂತ ನಾವಂತೀವಿ."

ವರಲಕ್ಷ್ಮಿ ಹಾಳೆಯನ್ನು ಬೆಳಕಿಗೆ ಹಿಡಿದಳು. "ಅದೇ ಹುಳ, ಅದೇ ನೂಲು... ಆದ್ರೂ ಇದು ಗೂಡಲ್ಲ. ಹಂಗಾದ್ರೆ ಗೂಡು ಅಂದ್ರೆ ಬರೀ ನೂಲಲ್ಲ ಅಂತಾಯ್ತಲ್ಲ ಸಾರ್?"

"ನೂಲು ಬಿಟ್ಟು ಗೂಡಲ್ಲಿ ಇನ್ನೇನಿದೆ? ತೋರ್ಸಿ ನೋಡೋಣ."

ಅವಳು ಹಾಳೆಯನ್ನು ಮಗುಚಿ ಇನ್ನೊಂದು ಕಡೆಯೂ ಹುಡುಕಿದಳು. ಅವನು ನಕ್ಕ. ಅವಳೂ ನಕ್ಕಳು. ಸುಬ್ಬಲಕ್ಷ್ಮಮ್ಮ ಕತ್ತಿ ಕೆಳಗಿಟ್ಟು ಮಗಳನ್ನೇ ನೋಡಿದರು. ಆ ಮನೆಯಲ್ಲಿ ಆ ನಗು ಕೇಳಿ ವರ್ಷಗಳಾಗಿದ್ದವು.

ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ವರಲಕ್ಷ್ಮಿಗೆ ಹಾಸಿಗೆಯಿಂದ ಏಳಲು ಆಗಲಿಲ್ಲ. ಜ್ವರವಿಲ್ಲ, ನೋವಿಲ್ಲ. ಏನೂ ಬೇಡ, ಅಷ್ಟೇ. ಅಂತ್ರ ಕಟ್ಟಿಸಿದರು, ಸೋಮಾರಿ ಅಂದರು. ಶಾಲೆ ಬಿಟ್ಟೇ ಹೋಯಿತು. ಈ ವರ್ಷ ಯುಗಾದಿಯ ಹೊತ್ತಿಗೆ ಚಿಕ್ಕಬಳ್ಳಾಪುರದ ಡಾಕ್ಟರ್ ತನುಜ ಅದಕ್ಕೆ ಖಿನ್ನತೆ ಎಂದು ಹೆಸರಿಟ್ಟು, ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಸಾರಿನ ಒಗ್ಗರಣೆ ವಾಸನೆ ಚೆನ್ನಾಗಿದೆ ಅನ್ನಿಸಿತು. ಅವಳು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟಿದ್ದಳು.

ಆ ಸುಖದ ದಿನಗಳಲ್ಲೇ ಕೇಶವ್ ಬಂದಿದ್ದ.

ಅವನು ಬರುತ್ತಲೇ ಹೋದ. ಹುಳು ನೆಪವಾಯಿತು. "ನೀವು" ಹೋಗಿ "ನೀನು" ಆಯಿತು, ಅವಳ ಕಡೆಯಿಂದ ಮಾತ್ರ "ನೀವು" ಹಾಗೇ ಉಳಿಯಿತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಗಲಾಟೆಯ ನಡುವೆ ಒಂದು ದಿನ ಕೇಳಿಯೇಬಿಟ್ಟ.

"ವರಾ, ನನ್ನ ಮದುವೆ ಆಗ್ತೀಯಾ?"

ಅವಳು ತಲೆಯಾಡಿಸಿದಳು. ಮನಸ್ಸು ಮಾತ್ರ ಚುಚ್ಚಿತು. 'ಕಾಯಿಲೆ ಮುಚ್ಚಿಟ್ಟು ಮದುವೆಯಾಗಬಾರದು. ಹೇಳಬೇಕು.'

ಹೇಳಿದ್ದು ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ, ಬೈಟು ಕಾಫಿಯ ಮುಂದೆ.

ಕೇಶವ್ ಲೋಟವನ್ನು ಪಕ್ಕಕ್ಕೆ ಸರಿಸಿದ.

"ಮಾತ್ರೆ ಶುರು ಮಾಡಿದ್ದು ಯುಗಾದಿಗೆ. ನಾನು ಸಿಕ್ಕಿದ್ದು ಆಮೇಲೆ... ಅಲ್ವಾ?"

"ಹೌದು. ಯಾಕೆ?"

"ವರಾ, ನಾನು ಕ್ಲಾಸಲ್ಲಿ ಒಂದು ಇಲಿ ಕಥೆ ಹೇಳ್ತೀನಿ. ಅಮೆರಿಕದ ಹುಲ್ಲುಗಾವಲಿನ ಇಲಿ. ಒಂದ್ಸಲ ಜೋಡಿಯಾದ್ರೆ ಸಾಮಾನ್ಯವಾಗಿ ಜೊತೆ ಬಿಡಲ್ಲ. ಅದರ ಮೆದುಳಲ್ಲಿ ಆಕ್ಸಿಟೋಸಿನ್ ಅನ್ನೋ ರಾಸಾಯನಿಕ ಬಂದು ಕೂರೋ ಜಾಗ ಇದೆಯಲ್ಲ, ಅದನ್ನ ಔಷಧಿ ಹಾಕಿ ಮುಚ್ಚಿದ್ರು. ಜೋಡಿನೇ ಆಗ್ಲಿಲ್ಲ! ಪ್ರೀತಿ ಅಂದ್ರೆ ಅಷ್ಟೇ. ನಿನ್ನ ಮಾತ್ರೆ ಸೆರೊಟೋನಿನ್ ಜಾಸ್ತಿ ಮಾಡುತ್ತೆ. ಆಗ ಎಲ್ಲಾ ಚೆಂದ ಕಾಣ್ಸುತ್ತೆ. ಆಗ ಎದುರಿಗೆ ನಿಂತಿದ್ದೋನು ನಾನು..."

"ಹಂಗಂದ್ರೆ?"

"ಬೇರೆ ಯಾರು ನಿಂತಿದ್ರೂ..." ಅವನು ಅವಳ ಕಡೆಗೆ ಬಾಗಿದ. "ಮಾತ್ರೆ ಇಲ್ದಿದ್ರೆ ನಿನ್ನ ಮನಸಲ್ಲಿ ನಾನು ಇರ್ತೀನಾ ವರಾ?"

ಅವನು ಕೇಳಿದ್ದು ಭಯದಿಂದ. ಅವಳಿಗೆ ಕೇಳಿಸಿದ್ದು ತೀರ್ಪು.

"ನನ್ನ ಮನಸು ನನಗೆ ಗೊತ್ತಿಲ್ವಾ?" ಎಂದಳು. "ನಿಮ್ಮನ್ನ ಇಷ್ಟಪಟ್ಟಿರೋದು ನಾನು."

"ಆ 'ನಾನು' ಯಾರು ಅನ್ನೋದೇ ಪ್ರಶ್ನೆ..."

ಅವಳು ಎದ್ದಳು. ಕಾಫಿ ಹಾಗೇ ಉಳಿಯಿತು.

ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ಯೋಚಿಸಿದಳು. 'ತೋರಿಸ್ತೀನಿ. ಮಾತ್ರೆ ಬಿಟ್ಟು ತೋರಿಸ್ತೀನಿ. ಆಗಲೂ ಪ್ರೀತಿ ಇದ್ದರೆ ಅದು ನನ್ನದೇ ತಾನೆ?'

ಗಾಜಿನ ಮೇಲೆ ಹುಳು ಬಿಟ್ಟು ನೋಡಿದವನಿಗೆ ಇಂಥ ಪರೀಕ್ಷೆಯೇ ಅರ್ಥವಾಗುತ್ತದೆ ಎಂದುಕೊಂಡಳು, ಪಾಪದ ಹುಡುಗಿ! ಅಮ್ಮನಿಗೂ ಹೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ.

ಮೊದಲು ತಲೆಸುತ್ತು ಬಂತು. ಕಣ್ಣು ಆಚೀಚೆ ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತಾಗುತ್ತಿತ್ತು. ಅದು ಕಡಿಮೆಯಾಯಿತು. 'ನೋಡಿದ್ರಾ? ಇನ್ನೂ ಇದ್ದೀರಿ!' ಎಂದು ಅವನ ಫೋಟೋಗೆ ಹೇಳಿದಳು.

ಆಮೇಲೆ ನಿಧಾನವಾಗಿ ಎಲ್ಲವೂ ಜಾರತೊಡಗಿತು. ಒಗ್ಗರಣೆಗೆ ವಾಸನೆಯಿಲ್ಲ. ಹುಳುವಿನ ಮೈ ಮುಟ್ಟಿದರೆ ತಂಪಿಲ್ಲ. ಒಂದು ಸಂಜೆ ಮೊಬೈಲಿನಲ್ಲಿ ಅವನ ಮುಖ ತೆರೆದಳು. ಕಣ್ಣು, ಮೂಗು, ಮೀಸೆ... ಎಲ್ಲ ಇದ್ದವು.

ಕೇಶವ್ ಇರಲಿಲ್ಲ.

ಗೋಡೆ ನೋಡಿದಂತಿತ್ತು. ಅಳುವೂ ಬರಲಿಲ್ಲ.

ಮೆಸೇಜ್ ಕಳಿಸಿದಳು: "ನೀವು ಹೇಳಿದ್ದೇ ಸರಿ. ಮಾತ್ರೆ ಬಿಟ್ಟೆ. ಈಗ ಏನೂ ಇಲ್ಲ."

ಅವನು ಓದಿದ. ಉತ್ತರ ಬರೆಯಲಿಲ್ಲ. 'ನಾನು ಅವಳಿಗೆ ಏನೂ ಅಲ್ಲ' ಎಂಬುದಷ್ಟೇ ಅವನಿಗೆ ಕಂಡಿತು. ಮಾತ್ರೆ ಬಿಟ್ಟ ಹುಡುಗಿ ಯಾವ ಬಾವಿಯಲ್ಲಿ ಬಿದ್ದಿದ್ದಾಳೆ ಎಂಬುದು ಕಾಣಲಿಲ್ಲ.

ಹಣ್ಣಾದ ಹುಳುಗಳು ತಟ್ಟೆಯಲ್ಲೇ ನೂಲು ಬಿಡತೊಡಗಿದ್ದರೂ ಮಗಳು ಏಳಲಿಲ್ಲ. ಸುಬ್ಬಲಕ್ಷ್ಮಮ್ಮ ಅವಳನ್ನು ಎಬ್ಬಿಸಿ, ಬಸ್ಸು ಹತ್ತಿಸಿ ಡಾಕ್ಟರ್ ತನುಜರ ಮುಂದೆ ಕೂರಿಸಿದರು.

"ಯಾರನ್ನ ಕೇಳಿ ನಿಲ್ಸಿದೆ?" ಡಾಕ್ಟರ್ ಗದರಿದರು. ವರಲಕ್ಷ್ಮಿ ಒಂದೊಂದೇ ಮಾತು ಎಳೆದು ಹೇಳಿದಳು. ಡಾಕ್ಟರ್ ಪೆನ್ನು ಕೆಳಗಿಟ್ಟರು.

"ಇದೇ ಮಾತ್ರೆ ತಗೊಳ್ಳೋರು ನನ್ನ ಹತ್ರ ಎಷ್ಟೋ ಜನ ಬರ್ತಾರೆ. ಅವರೆಲ್ಲಾ ನಿನ್ನ ಕೇಶವ್‌ನ ಪ್ರೀತಿಸ್ತಾರೇನಮ್ಮಾ?"

ವರಲಕ್ಷ್ಮಿ ಮೊದಲ ಬಾರಿಗೆ ತಲೆಯೆತ್ತಿದಳು.

"ಮಾತ್ರೆಗೆ ಅವನ ಹೆಸರು ಗೊತ್ತಿಲ್ಲ. ಇನ್ನೊಂದು ಕೇಳು. ನುಂಗಿದ ಕೆಲವೇ ಗಂಟೆಯಲ್ಲಿ ಸೆರೊಟೋನಿನ್ ಲೆಕ್ಕ ಬದಲಾಗುತ್ತೆ. ಆದ್ರೆ ನಿನ್ನ ಮನಸು ಏಳೋಕೆ ವಾರಗಳೇ ಬೇಕಾಯ್ತು. ರಾಸಾಯನಿಕ ಒಂದೇ ಮನಸಾಗಿದ್ರೆ ಅವತ್ತೇ ನಗಬೇಕಿತ್ತಲ್ವಾ? ಕೋಟಿಗಟ್ಟಲೆ ನರಕೋಶಗಳು ಒಂದಕ್ಕೊಂದು ನಿಧಾನಕ್ಕೆ ಮತ್ತೆ ಹೊಂದ್ಕೋಬೇಕು. ಹೇಗೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ."

"ಆದ್ರೆ ಡಾಕ್ಟ್ರೇ... ಮಾತ್ರೆ ಬಿಟ್ರೆ ಅವ್ರು ಹೋಗ್ಬಿಟ್ರಲ್ಲ..."

"ನಿಮ್ಮಮ್ಮನ ಮೇಲಿನ ಪ್ರೀತಿ ಹೋಗಿಲ್ವಾ? ಊಟದ ಮೇಲಿಂದು? ಎಲ್ಲಾ ಹೋಗಿದೆ. ಅದು ಕಾಯಿಲೆ ಕಣಮ್ಮಾ, ಸತ್ಯ ಅಲ್ಲ."

ಪಕ್ಕದಲ್ಲಿದ್ದ ಸುಬ್ಬಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

ಮತ್ತೆ ಮಾತ್ರೆ ಶುರುವಾಯಿತು. ಮತ್ತೆ ವಾರಗಳ ಕಾಯುವಿಕೆ. ಒಂದು ಬೆಳಿಗ್ಗೆ ವರಲಕ್ಷ್ಮಿ ಎದ್ದು ಕೂತಾಗ ಎದೆಯಲ್ಲಿ ಏನೋ ಬಿಸಿಯಾಗಿತ್ತು. ಮುಟ್ಟಿ ನೋಡಿಕೊಂಡಂತೆ ಅದನ್ನು ಗಮನಿಸಿದಳು.

ಕೋಪ.

ಅದೇ ಮಾತ್ರೆ, ಅದೇ ಪ್ರಮಾಣ. ಹೋದ ಸಲ ತಂದಿದ್ದು ನಗು. ಈ ಸಲ ತಂದಿದ್ದು ಇದು!

ಕೇಶವ್ ಬಂದದ್ದು ಅದೇ ವಾರ. ಅವನ ಮುಖ ಇಳಿದಿತ್ತು, ಗಡ್ಡ ಬೆಳೆದಿತ್ತು. ಸುಬ್ಬಲಕ್ಷ್ಮಮ್ಮ, "ಬಂದ್ಯಾ ಮಹರಾಯ? ಇನ್ನೇನು ಪರೀಕ್ಷೆ ಬಾಕಿ ಇದೆ?" ಎಂದು ಒಳಗೆ ಹೋಗಿಬಿಟ್ಟರು.

ವರಲಕ್ಷ್ಮಿ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕೂತಿದ್ದಳು. ಅವನು ಸ್ವಲ್ಪ ದೂರದಲ್ಲಿ ಕೂತ.

"ನಾನು ತಪ್ಪು ಪಾಠ ಹೇಳ್ದೆ ವರಾ. ಅದೇ ಜಾತಿಯ ಇಲಿಗಳ ಮೇಲೆ ಆಮೇಲೆ ಇನ್ನೊಂದು ಪ್ರಯೋಗ ಮಾಡಿದ್ದಾರೆ, ಮೊನ್ನೆ ಓದ್ದೆ. ಆಕ್ಸಿಟೋಸಿನ್ ಕೂರೋ ಆ ಜಾಗನೇ ಇಲ್ದಂಗೆ ಇಲಿ ಹುಟ್ಟಿಸಿದ್ದಾರೆ. ಆದ್ರೂ... ಅವು ಜೋಡಿಯಾದ್ವು! ಮರಿ ಹಾಕಿ ಸಾಕಿದ್ವು! ಆ ಭಾಗ ಇಲ್ಲ ಅಂದ್ರೆ ಮಿಕ್ಕಿದ್ದೆಲ್ಲಾ ಸೇರಿ ಬೇರೆ ದಾರಿ ಮಾಡ್ಕೊಂಡಿರಬೇಕು. ಪ್ರೀತಿ ಯಾವ ಒಂದು ಭಾಗದಲ್ಲೂ ಇಲ್ಲ."

ಅವಳು ಒಂದು ಎಲೆ ಕಿತ್ತು ಬೆರಳಿಗೆ ಸುತ್ತಿಕೊಂಡಳು.

"ಮೆದುಳು ಬಿಟ್ಟು ಆಚೆ ಆತ್ಮ ಇದೆ ಅಂತ ಈಗಲೂ ನಾನು ಹೇಳಲ್ಲ. ಸುಳ್ಳು ಹೇಳಿ ನಿನ್ನ ಒಲಿಸ್ಕೊಳ್ಳೋದು ಬೇಡ. ಆದ್ರೆ ನನ್ನ ತಲೆಯಲ್ಲಿರೋ ಒಂದು ನರಕೋಶಕ್ಕೂ ನಿನ್ನ ಪರಿಚಯ ಇಲ್ಲ. ಎಲ್ಲಾ ಒಟ್ಟಿಗೆ ಸೇರಿದಾಗ ಪರಿಚಯ ಹುಟ್ಟುತ್ತೆ. ಹುಟ್ಟಿದ್ಮೇಲೆ ಅದು ನಿಜಾನೇ. 'ಅಷ್ಟೇ' ಅಂತ ತಳ್ಳಿಹಾಕೋಕೆ ಆಗಲ್ಲ... ನಿನ್ನ ಪ್ರೀತ್ಸಿದ್ದೀನಿ ವರಾ. ಭಯ ಆಗಿತ್ತು. ನನ್ನಂಥೋನ್ನ ಯಾರಾದ್ರೂ ಸುಮ್ ಸುಮ್ನೆ ಯಾಕೆ ಇಷ್ಟಪಡ್ತಾರೆ ಅಂತ..."

ಅವಳ ಕಣ್ಣು ತುಂಬಿತು. ಈ ಒಂದು ಮಾತನ್ನು ಅವತ್ತು ಹೋಟೆಲಿನಲ್ಲಿ ಹೇಳಿದ್ದರೆ!

"ಇಲಿ ಹೇಳಿದ್ಮೇಲೆ ನಂಬಿದ್ರಿ," ಎಂದಳು ಮೆಲ್ಲಗೆ. "ನಾನು ಹೇಳಿದಾಗ ನಂಬ್ಲಿಲ್ಲ."

ಅವನು ಮುಖ ಮುಚ್ಚಿಕೊಂಡ.

"ಎಷ್ಟು ದಿನ ಗೋಡೆ ನೋಡ್ಕೊಂಡು ಮಲಗಿದ್ದೆ ಗೊತ್ತಾ? ಅಮ್ಮ ತಲೆ ಬಾಚಿದ್ರೂ ಬೇಡ ಅನ್ನಿಸ್ತಿತ್ತು. ನಿಮ್ಮ ಪ್ರಶ್ನೆಗೆ ಉತ್ತರ ತರೋಕೆ ಹೋಗಿದ್ದೆ ನಾನು."

"ಗೊತ್ತು..."

"ಗೊತ್ತಿಲ್ಲ. ಪುಸ್ತಕದಲ್ಲಿ ಓದಿದ್ದೀರಿ."

ಗಾಳಿಗೆ ಸೊಪ್ಪು ಅಲುಗಾಡಿತು. ಅವನು ಕೇಳಿದ, "ಈಗ... ಹೇಗಿದ್ದೀಯಾ?"

"ಮೊದ್ಲು ಕೋಪ ಬಂತು."

"ಆಮೇಲೆ?"

"ಹಸಿವು."

ಅವನು ಅವಳತ್ತ ತಿರುಗಿದ. "ಊಟ ಮಾಡಿದ್ಯಾ?"

"ಮಾಡ್ದೆ. ನೀವು?"

"ಇಲ್ಲ."

ಆ 'ಇಲ್ಲ' ಕೇಳಿ ಅವಳ ಎದೆಯಲ್ಲಿ ಎಲ್ಲೋ ಚುರುಕ್ ಎಂದಿತು. ಇದು ಮಾತ್ರೆಯದಲ್ಲ, ತನ್ನದೇ ಎಂದು ಅವಳಿಗೆ ಗೊತ್ತಾಯಿತು. ಅದನ್ನು ಇನ್ನು ಯಾರಿಗೂ ಸಾಬೀತು ಮಾಡಬೇಕಿರಲಿಲ್ಲ. ಆದರೆ ಕೋಪವೂ ಅಷ್ಟೇ ತನ್ನದಾಗಿತ್ತು. ಎರಡೂ ಒಟ್ಟಿಗೆ ಕೂತಿದ್ದವು, ಒಂದನ್ನು ಎಬ್ಬಿಸಿದರೆ ಇನ್ನೊಂದೂ ಏಳುವಂತೆ.

"ಅದಾದ್ಮೇಲೆ ಏನು ಬಂತು ವರಾ?"

ಅವಳು ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡಳು.

ಕೇಶವ್ ನಿಧಾನವಾಗಿ ತನ್ನ ಅಂಗೈಯನ್ನು ಇಬ್ಬರ ನಡುವಿನ ಮಣ್ಣಿನ ಮೇಲೆ ಇಟ್ಟ.

"ಒಂದ್ಸಲ ಕೈ ಹಿಡ್ಕೊಳ್ತೀಯಾ?"