ಮೊದಲ ವಾಕ್ಯ

ಶರಣ್ ಮೊದಲ ಸಲ ನನ್ನ ಎದುರಿನ ಕುರ್ಚಿ ಎಳೆದುಕೊಂಡು ಕುಳಿತಾಗ, ಇವನು ನನ್ನ ಕೆಲಸ ಕಿತ್ತುಕೊಳ್ಳಲು ಬಂದಿದ್ದಾನೆ ಎಂದೇ ಅಂದುಕೊಂಡೆ. ಹೆಡ್ ಆಫೀಸಿನ ಎಚ್‌ಆರ್. ಕೈಯಲ್ಲಿ ಪ್ರಿಂಟ್‌ಔಟ್, ಮುಖದಲ್ಲಿ ನಗುವಿಲ್ಲ.

"ತನ್ಮಯಿ ಮೇಡಂ, ಕಾಫಿ ಆಯ್ತಾ?"

"ಆಯ್ತು. ವಿಷಯಕ್ಕೆ ಬನ್ನಿ."

"ದಿನಾ ಸಂಜೆ ಆರೂವರೆಯಿಂದ ಏಳೂವರೆವರೆಗೆ ನಿಮ್ಮ ಲಾಗಿನ್‌ನಲ್ಲಿ ತಿದ್ದುಪಡಿ ಆಗಿದೆ. ಎಲ್ಲಾ ತಿರುಮಲೇಶ್ ಅವರ ಎಂಟ್ರಿಗಳೇ. ಏಳು ತಿಂಗಳಿಂದ." ಅವನು ಹಾಳೆಯನ್ನು ನನ್ನ ಕಡೆ ತಿರುಗಿಸಿದ. "ಇದೇನು ಹೇಳಿ?"

ನಾನು ಹಾಳೆಯನ್ನು ಮಗುಚಿ ಇಟ್ಟೆ.

ನಮ್ಮದು ಜಯನಗರದ ರಕ್ತಪರೀಕ್ಷೆಯ ಲ್ಯಾಬ್. ಡೇಟಾ ಡೆಸ್ಕಿನ ಏಳು ಜನಕ್ಕೆ ನಾನು ಮ್ಯಾನೇಜರ್. ಅವರಲ್ಲಿ ಹಿರಿಯರು ತಿರುಮಲೇಶ್, ನಲವತ್ತೇಳು ವರ್ಷ. ಹದಿನಾಲ್ಕು ವರ್ಷ ಕೌಂಟರಿನಲ್ಲಿದ್ದವರು. ಸೂಜಿ ಕಂಡರೆ ಕಿರುಚುವ ಮಕ್ಕಳೂ ಅವರ ಮಾತಿಗೆ ಕೈ ಚಾಚುತ್ತಿದ್ದವು. ಹೊಸ ಸಾಫ್ಟ್‌ವೇರ್ ಬಂದಾಗ ಕೌಂಟರಿನಲ್ಲಿ ಜನ ಕಡಿಮೆ ಮಾಡಿ ಅವರನ್ನು ಡೆಸ್ಕಿಗೆ ಹಾಕಿದರು. ಅಲ್ಲಿಂದ ಶುರುವಾಯಿತು. ಹೆಣ್ಣಿಗೆ ಗಂಡು ಎಂದು ಟಿಕ್, ಒಬ್ಬರ ಟೆಸ್ಟ್ ಇನ್ನೊಬ್ಬರ ಹೆಸರಿಗೆ.

ನಾನು ಮಾಡಿದ ತಪ್ಪು ಅವರ ತಪ್ಪಿಗಿಂತ ದೊಡ್ಡದು. ಅವರನ್ನು ಕರೆದು ಹೇಳುವ ಧೈರ್ಯವಾಗಲಿಲ್ಲ. ಎಲ್ಲರೂ ಹೋದ ಮೇಲೆ ಕುಳಿತು ನಾನೇ ಒಂದೊಂದಾಗಿ ತಿದ್ದುತ್ತಿದ್ದೆ. ಪಾಪ ಎಂದುಕೊಳ್ಳುತ್ತಿದ್ದೆ. ಮನೆಗೆ ಹೋಗುವಷ್ಟರಲ್ಲಿ ಅಮ್ಮನ ಜೊತೆ ಎರಡು ಮಾತಾಡಲೂ ತ್ರಾಣ ಉಳಿಯುತ್ತಿರಲಿಲ್ಲ.

ಹೀಗಿರುವಾಗ ಒಮ್ಮೆ ನನಗೆ ಜ್ವರ ಬಂದು ಎರಡು ದಿನ ರಜೆ ಹಾಕಿದೆ. ಆ ಎರಡು ದಿನದಲ್ಲಿ ಆರು ವರ್ಷದ ಮಗುವಿನ ವಯಸ್ಸು ಅರವತ್ತು ಎಂದು ದಾಖಲಾಗಿ ರಿಪೋರ್ಟ್ ಹೊರಗೆ ಹೋಯಿತು. ಬೆಳೆಯುವ ಮಕ್ಕಳಲ್ಲಿ ಸಹಜವಾಗಿಯೇ ಜಾಸ್ತಿ ಇರುವ ಒಂದು ಅಂಶ, ಅರವತ್ತರ ಲೆಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ಹೆಚ್ಚು' ಎಂದು ಅಚ್ಚಾಯಿತು. ಆ ಮಗುವಿನ ತಾಯಿ ಒಂದು ಹಗಲು, ಒಂದು ರಾತ್ರಿ ಅತ್ತಳು. ಮರುದಿನ ಡಾಕ್ಟರ್ ವಯಸ್ಸು ನೋಡಿ ನಮಗೆ ಫೋನ್ ಮಾಡಿ ಬೈದರು.

ಆಮೇಲೆ ತಿರುಮಲೇಶ್ ಅವರಿಗೆ ಅರವತ್ತು ದಿನದ ಸುಧಾರಣಾ ಯೋಜನೆ ಬಂತು. ನೂರು ಎಂಟ್ರಿಗೆ ಎರಡಕ್ಕಿಂತ ಹೆಚ್ಚು ತಪ್ಪಿರಬಾರದು, ವಾರಕ್ಕೊಮ್ಮೆ ಪರಿಶೀಲನೆ, ಆಗದಿದ್ದರೆ ಕೆಲಸದಿಂದ ಬಿಡುಗಡೆ. ಮೂರು ವಾರ ಲೆಕ್ಕ ಚೆನ್ನಾಗಿಯೇ ಬಂತು. ಯಾಕೆಂದರೆ ಸಂಜೆ ಆರೂವರೆಗೆ ನಾನಿದ್ದೆನಲ್ಲ.

"ಅವ್ರಿಗೆ ಗೊತ್ತಾ, ನೀವು ತಿದ್ದೋದು?" ಶರಣ್ ಕೇಳಿದ.

"ಇಲ್ಲ."

"ಹಾಗಾದ್ರೆ ಈ ಮೂರು ವಾರ ಲೆಕ್ಕಕ್ಕಿಲ್ಲ. ಮತ್ತೆ ಒಂದನೇ ದಿನದಿಂದ ಶುರು ಮಾಡೋಣ. ಆದ್ರೆ ಮೊದಲು ನೀವು ಅವ್ರಿಗೆ ನಿಜ ಹೇಳ್ಬೇಕು. ನಾನೂ ಪಕ್ಕದಲ್ಲಿರ್ತೀನಿ."

ನನ್ನ ಮೇಲೆ ದೂರು ಬರೆಯುತ್ತಾನೆ ಎಂದುಕೊಂಡಿದ್ದೆ. ಬರೆದ, ನಿಜ. ಒಂದು ಎಚ್ಚರಿಕೆ ಪತ್ರ ನನಗೂ ಬಂತು. ಅದನ್ನು ಕೊಡುವಾಗ, "ಇದು ನಿಮಗೆ ಸಿಗಲೇಬೇಕಿತ್ತು, ಸಾರಿ" ಎಂದ. ಇಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಬೈದಿರಲಿಲ್ಲ.

ತಿರುಮಲೇಶ್ ನನ್ನ ಮಾತು ಕೇಳಿ ತಮ್ಮ ಅಂಗೈಗಳನ್ನೇ ನೋಡಿಕೊಂಡರು. "ಏಳು ತಿಂಗಳಿಂದ ಮನೇಲಿ ಹೇಳ್ಕೊಂಡು ತಿರುಗ್ತಿದ್ದೆ ಮೇಡಂ, ಕಂಪ್ಯೂಟರ್ ಕಲ್ತುಬಿಟ್ಟೆ ಅಂತ" ಎಂದರು.

ಅವತ್ತಿನಿಂದ ಅರವತ್ತು ದಿನ, ಪ್ರತಿ ಬುಧವಾರ ಹನ್ನೊಂದಕ್ಕೆ ನಾವು ಮೂವರು ಸಣ್ಣ ಮೀಟಿಂಗ್ ರೂಮಿನಲ್ಲಿ ಕೂರುತ್ತಿದ್ದೆವು. ಕಣ್ಣು ತೋರಿಸಲು ಹೇಳಿದೆವು, ಹೊಸ ಕನ್ನಡಕ ಬಂತು. ಟೀಮಿನ ಐಶ್ವರ್ಯ ಎರಡು ವಾರ ಬೆಳಗ್ಗೆ ಒಂದು ಗಂಟೆ ಪಕ್ಕದಲ್ಲಿ ಕುಳಿತು ಕಲಿಸಿದಳು. ವಯಸ್ಸನ್ನು ಬಾಯಲ್ಲಿ ಹೇಳಿಕೊಂಡೇ ಟೈಪ್ ಮಾಡಿ ಎಂದೆವು. ನೂರಕ್ಕೆ ಹನ್ನೊಂದಿದ್ದ ತಪ್ಪು ಒಂಬತ್ತಾಯಿತು, ಏಳಾಯಿತು, ಆರಕ್ಕೆ ನಿಂತಿತು. ಅವರು ಎಷ್ಟು ಕಷ್ಟಪಡುತ್ತಿದ್ದರೆಂದರೆ ಅವರ ಕಡೆ ನೋಡಲು ನನಗೆ ಆಗುತ್ತಿರಲಿಲ್ಲ. ವಾಪಸ್ ಕೌಂಟರಿಗೆ ಹಾಕಿ ಎಂದು ಎರಡು ಮೇಲ್ ಬರೆದೆ. ಈಗ ಯಾವ ಶಾಖೆಯ ಕೌಂಟರಿನಲ್ಲೂ ಹುದ್ದೆ ಖಾಲಿ ಇಲ್ಲ ಎಂದು ಎರಡು ಸಲವೂ ಉತ್ತರ ಬಂತು.

ಆ ಬುಧವಾರಗಳಲ್ಲಿ ನನಗೆ ಇನ್ನೊಂದು ಕಷ್ಟ ಶುರುವಾಗಿತ್ತು.

ಶರಣ್ ಬರೆಯುವಾಗ ಪೆನ್ನಿನ ಮುಚ್ಚಳವನ್ನು ಕಿರುಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ತಿರುಮಲೇಶ್ ತಡವರಿಸಿದರೆ ಅವರ ಮುಖ ನೋಡದೆ ಕಿಟಕಿ ಕಡೆ ತಿರುಗಿ ಕಾಯುತ್ತಿದ್ದ. ಒಮ್ಮೆ ನಾನು ಕಣ್ಣೊರೆಸಿಕೊಳ್ಳಲು ಟಿಶ್ಯೂ ಹುಡುಕಿದರೆ, ಡಬ್ಬಿಯೇ ಮೆಲ್ಲಗೆ ಜಾರಿ ನನ್ನ ಮೊಣಕೈಗೆ ತಾಗಿತು. ತಲೆ ಎತ್ತಿದೆ. ಅವನು ಫೈಲಿನಲ್ಲಿ ಭಾರಿ ಮುಳುಗಿದವನಂತೆ ನಟಿಸುತ್ತಿದ್ದ. ಫೈಲು ತಲೆಕೆಳಗಾಗಿತ್ತು.

ಮೂವತ್ತಾರನೇ ವಯಸ್ಸಿನಲ್ಲಿ ನನಗೆ ಇದೆಲ್ಲ ಬೇಕಿತ್ತೇ? ಅದೂ ಒಬ್ಬರ ಕೆಲಸ ತೆಗೆಯುವ ಫೈಲಿನ ಪಕ್ಕದಲ್ಲಿ! ನಾಚಿಕೆಯಾಗುತ್ತಿತ್ತು. ಆದರೂ ಬುಧವಾರ ಒಳ್ಳೆಯ ಸೀರೆಯನ್ನೇ ಉಡುತ್ತಿದ್ದೆ.

ಐವತ್ತೊಂಬತ್ತನೇ ದಿನ ಸಂಜೆ ಅವನು ಒಂಬತ್ತನೇ ಬ್ಲಾಕಿನ ದರ್ಶಿನಿಗೆ ಕರೆದ. "ನಾಳೆ ತಿರುಮಲೇಶ್ ಅವ್ರಿಗೆ ಸುದ್ದಿ ಹೇಗೆ ಹೇಳ್ತೀರಿ, ಒಂದ್ಸಲ ಪ್ರಾಕ್ಟೀಸ್ ಮಾಡಿ" ಎಂದ. ನಿಂತು ಕುಡಿಯುವ ಟೇಬಲ್ಲು, ಬೈ ಟೂ ಕಾಫಿ.

"ನಾನೇ ತಿರುಮಲೇಶ್. ಶುರು ಮಾಡಿ."

ಸೆರಗು ಸರಿ ಮಾಡಿಕೊಂಡೆ. "ತಿರುಮಲೇಶ್ ಅವ್ರೇ, ಚೆನ್ನಾಗಿದೀರಾ? ನೀವು ಈ ಲ್ಯಾಬ್‌ಗೆ ತುಂಬಾ ಮಾಡಿದೀರಿ. ನಿಮ್ಮ ಶ್ರಮ ಎಲ್ಲರಿಗೂ ಗೊತ್ತು. ನಾವೆಲ್ಲ ಒಂದು ಫ್ಯಾಮಿಲಿ ಥರ..."

"ತುಂಬಾ ಥ್ಯಾಂಕ್ಸ್ ಮೇಡಂ. ಹಾಗಾದ್ರೆ ಇಂಕ್ರಿಮೆಂಟ್ ಯಾವಾಗ?"

ನನಗೆ ನಗು ಬಂದು ಕಾಫಿ ನೆತ್ತಿಗೇರಿತು. ಅವನು ನಗಲಿಲ್ಲ, ಕರ್ಚೀಫ್ ಕೊಟ್ಟ.

"ನಾಲ್ಕು ವಾಕ್ಯ ಆಯ್ತು, ನಂಗಿನ್ನೂ ಕೆಲಸ ಇದೆ ಅಂತಾನೇ ಅಂದ್ಕೊಂಡಿದೀನಿ. ಸುದ್ದಿ ಮೊದಲ ವಾಕ್ಯದಲ್ಲೇ ಬರ್ಬೇಕು ಮೇಡಂ. ಆಮೇಲೆ ಸುಮ್ನಿರ್ಬೇಕು. ಆ ಮೌನ ನಿಮ್ಗೆ ಹಿಂಸೆ ಆಗುತ್ತೆ, ಆದ್ರೆ ಅದು ಅವ್ರದು. ನೀವು ತುಂಬೋಕೆ ಹೋಗ್ಬೇಡಿ."

ಮತ್ತೆ ಪ್ರಯತ್ನಿಸಿದೆ. "ಹೆಡ್ ಆಫೀಸ್‌ನವ್ರು ಒಂದು ನಿರ್ಧಾರ..."

"ಪತ್ರದಲ್ಲಿ ನಿಮ್ಮ ಸಹಿ ಇರಲ್ವಾ?"

ಐದನೇ ಸಲಕ್ಕೆ ಸುದ್ದಿ ಮೊದಲ ವಾಕ್ಯದಲ್ಲೇ ಬಂತು. ಪಕ್ಕದ ಟೇಬಲ್ಲಿನವರು ನನ್ನನ್ನು ವಿಚಿತ್ರವಾಗಿ ನೋಡಿದರು. ಅಷ್ಟರಲ್ಲಿ ಇಡ್ಲಿ ತರಿಸಲೇ ಎಂದು ಕೇಳಿದೆ. ಅವನು ಬೇಡವೆಂದ.

"ಇಂಥ ಸುದ್ದಿಗಳ ಆಸುಪಾಸಿನಲ್ಲಿ ನಂಗೆ ಅನ್ನ ಇಳಿಯಲ್ಲ. ಇದು ಮೂವತ್ತೊಂದನೇದು. ಜನ ನಾನು ಕಟುಕ ಅಂತಾರೆ. ನೀವೂ ಮೊದಲ ದಿನ ಹಾಗೇ ಅಂದ್ಕೊಂಡ್ರಿ, ಅಲ್ವಾ?"

"ಹೂಂ."

"ಈಗ?"

ಲೋಟದ ಅಂಚಿನ ಮೇಲಿಂದ ನೋಡುತ್ತಿದ್ದ. ಕಣ್ಣ ಕೆಳಗೆ ಕಪ್ಪು, ಕಣ್ಣೊಳಗೆ ಒಂದಿಷ್ಟು ತುಂಟತನ. ಹೇಳಬೇಕೆನಿಸಿತು. ಆದರೆ ತಿರುಮಲೇಶ್ ಅವರ ಫೈಲು ನಮ್ಮಿಬ್ಬರ ಕೈಯಲ್ಲಿರುವಾಗ ಆ ಮಾತು ತಪ್ಪಾಗುತ್ತಿತ್ತು. "ಲೇಟಾಯ್ತು, ಬರ್ತೀನಿ" ಎಂದು ಹೊರಟೆ.

ಮರುದಿನ ಗುರುವಾರ ಬೆಳಗ್ಗೆ ಹತ್ತು ಗಂಟೆ. ಶುಕ್ರವಾರ ಸಂಜೆ ಹೇಳಿ ಎರಡು ದಿನ ಒಬ್ಬರನ್ನೇ ನರಳಲು ಬಿಡಬಾರದು ಎಂದು ಶರಣ್ ದಿನ ಆರಿಸಿದ್ದ. ಟೇಬಲ್ ಮೇಲೆ ನೀರು, ಪತ್ರ. ತಿರುಮಲೇಶ್ ಹೊಸ ಕನ್ನಡಕ ಹಾಕಿಕೊಂಡು ಬಂದು ಕುಳಿತರು.

"ತಿರುಮಲೇಶ್ ಅವ್ರೇ, ನಿಮ್ಮನ್ನ ಕೆಲಸದಿಂದ ತೆಗೀತಾ ಇದೀವಿ. ಇವತ್ತೇ ಕೊನೇ ದಿನ."

ಸುಮ್ಮನಾದೆ. ಹೊರಗೆ ಟೋಕನ್ ನಂಬರ್ ಕೂಗುವುದು ಕೇಳಿಸುತ್ತಿತ್ತು. ಎಪ್ಪತ್ತೆರಡು, ಎಪ್ಪತ್ಮೂರು. ಸಾರಿ ಎನ್ನಬೇಕು, ಏನಾದರೂ ಅನ್ನಬೇಕು ಎಂದು ನಾಲಿಗೆ ಒದ್ದಾಡಿತು. ಶರಣ್ ಕಿಟಕಿ ಕಡೆ ನೋಡುತ್ತಿದ್ದ. ಎಪ್ಪತ್ನಾಲ್ಕು.

"ಗೊತ್ತಿತ್ತು ಮೇಡಂ," ಕೊನೆಗೆ ತಿರುಮಲೇಶ್ ಎಂದರು. "ಆರರಿಂದ ಕೆಳಗೆ ಇಳೀಲೇ ಇಲ್ಲ."

ಶರಣ್ ಉಳಿದದ್ದನ್ನು ನಿಧಾನವಾಗಿ ವಿವರಿಸಿದ. ನೋಟಿಸ್ ಅವಧಿಯ ಸಂಬಳ, ಗ್ರಾಚ್ಯುಟಿ, ಪಿಎಫ್, ಅನುಭವ ಪತ್ರ. ತಾವೇ ರಾಜೀನಾಮೆ ಕೊಡುವುದಾದರೆ ಅದಕ್ಕೂ ಅವಕಾಶವಿದೆ, ಎರಡು ದಿನ ಯೋಚಿಸಿ, ಈಗಲೇ ಸಹಿ ಬೇಡ ಎಂದ. ನಿಮ್ಮ ಕೌಂಟರ್ ಕೆಲಸದ ಬಗ್ಗೆ ಬೇರೆ ಲ್ಯಾಬಿನವರು ಯಾರು ಫೋನ್ ಮಾಡಿ ಕೇಳಿದರೂ ನಾನೇ ಮಾತಾಡುತ್ತೇನೆ ಎಂದೆ. ಅದು ಸಮಾಧಾನದ ಮಾತಾಗಿರಲಿಲ್ಲ. ಕೌಂಟರಿನಲ್ಲಿ ಅವರಂಥವರನ್ನು ನಾನು ಕಂಡಿಲ್ಲ.

"ಒಂದೇ ಮಾತು ಮೇಡಂ." ಅವರು ಎದ್ದು ನಿಂತಿದ್ದರು. "ಮೊದಲ ವಾರಾನೇ ಹೇಳಿದ್ರೆ ಬೈಕೊಂಡಿರ್ತಿದ್ದೆ ನಿಮ್ಮನ್ನ. ಆದ್ರೆ ಆಗ ಬೇರೆ ಶಾಖೇಲಿ ಕೌಂಟರ್ ಜಾಗ ಖಾಲಿ ಇತ್ತು."

ಅದು ನಿಜ. ನನ್ನ ಕರುಣೆ ಅವರ ಏಳು ತಿಂಗಳು ತಿಂದಿತ್ತು. ಕೈ ಮುಗಿದೆ.

ಅವರು ಜೇಬಿನಿಂದ ಒಂದು ಚೀಟಿ ತೆಗೆದು ಕೊಟ್ಟರು. "ತಿಲಕ್ ನಗರದ ಗಿರಿಜಾದೇವಿ ಅಮ್ಮ. ತಿಂಗಳ ಮೊದಲ ಶುಕ್ರವಾರ ಮನೆಗೇ ಹೋಗಿ ರಕ್ತ ತಗೋಬೇಕು. ನಾನು ಫೋನ್ ಮಾಡಿದ್ರೇನೇ ಬಾಗಿಲು ತೆಗೀತಿದ್ರು. ಎಡಗೈಲೇ ತಗೊಳ್ಳೋಕೆ ಹೇಳಿ, ಬಲಗೈ ನರ ಸಿಗಲ್ಲ." ಐಡಿ ಕಾರ್ಡ್ ಟೇಬಲ್ ಮೇಲಿಟ್ಟು, ಟಿಫನ್ ಬಾಕ್ಸ್ ಎತ್ತಿಕೊಂಡು ಹೋದರು.

ಸಂಜೆ ಐದೂವರೆಗೆ ಶರಣ್ ಫೈಲಿನ ಮೇಲೆ 'ಮುಗಿದಿದೆ' ಎಂದು ಬರೆದ. ಸೋಮವಾರದಿಂದ ಅವನಿಗೆ ಬನಶಂಕರಿಯ ಶಾಖೆ. ಇನ್ನು ಬುಧವಾರಗಳಿಲ್ಲ. ಇಬ್ಬರೂ ಅದೇ ದರ್ಶಿನಿಯ ಕಡೆ ನಡೆದೆವು.

"ಟ್ರಾಫಿಕ್ ಜಾಸ್ತಿ ಇವತ್ತು" ಎಂದೆ. "ಬನಶಂಕರಿ ಶಾಖೇಲಿ ಪಾರ್ಕಿಂಗ್ ಇದೆಯಂತೆ. ನಿಮ್ಗೆ ಮನೆ ಹತ್ರ ಆಗುತ್ತೆ. ಒಳ್ಳೇದಾಯ್ತು ಬಿಡಿ."

ಅವನು ಲೋಟ ಕೆಳಗಿಟ್ಟ. "ನಾಲ್ಕು ವಾಕ್ಯ ಆಯ್ತು, ತನ್ಮಯಿ. ನಂಗಿನ್ನೂ ಇಂಕ್ರಿಮೆಂಟೇ ಬರುತ್ತೆ ಅನ್ನಿಸ್ತಿದೆ."

ಮೊದಲ ಸಲ 'ಮೇಡಂ' ಬಿಟ್ಟಿದ್ದ. ಹೇಳದೆ ಬಿಟ್ಟು, ಒಳಗೊಳಗೇ ತಿದ್ದಿಕೊಂಡು, ಎಲ್ಲ ಸರಿಯಿದೆ ಎಂದು ನಟಿಸುವುದು ನನಗೆ ಚೆನ್ನಾಗಿ ಬರುತ್ತಿತ್ತು. ಅದರಿಂದ ಆದದ್ದನ್ನು ಬೆಳಗ್ಗೆಯಷ್ಟೇ ಕಣ್ಣಾರೆ ಕಂಡಿದ್ದೆ.

"ನಂಗೆ ನೀವು ಬೇಕು, ಶರಣ್."

ಹೇಳಿ ಸುಮ್ಮನಾದೆ. ತಮಾಷೆಗೆ ಎನ್ನಲಿಲ್ಲ. ತಪ್ಪು ತಿಳಿಯಬೇಡಿ ಎನ್ನಲಿಲ್ಲ. ಆ ಮೌನ ಅವನದು, ಅವನಿಗೇ ಬಿಟ್ಟೆ. ಸಪ್ಲೈಯರ್ ಬಂದು ಟೇಬಲ್ ಒರೆಸಿ ಹೋದ. ರಸ್ತೆಯಲ್ಲಿ ಒಂದು ಬಸ್ಸು ನಿಂತು ಜನ ಇಳಿದು ಮತ್ತೆ ಹೊರಟಿತು. ಶರಣ್ ಕಿಟಕಿ ಕಡೆ ತಿರುಗಲಿಲ್ಲ, ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣು ತುಂಬಿಕೊಂಡಿತು. ಈ ಸಲ ಕರ್ಚೀಫ್ ಕೊಟ್ಟವಳು ನಾನು.

"ಎಷ್ಟು ವಾರದಿಂದ?" ಎಂದು ಕೇಳಿದ.

"ಫೈಲು ತಲೆಕೆಳಗೆ ಹಿಡ್ಕೊಂಡಿದ್ರಲ್ಲ, ಅವತ್ತಿಂದ."

"ನೋಡಿದ್ರಾ ಅದನ್ನ? ಛೆ!" ಅವನು ನಕ್ಕ. ಅರವತ್ತು ದಿನದಲ್ಲಿ ಅಷ್ಟು ಮನಸಾರೆ ನಕ್ಕದ್ದನ್ನು ನೋಡಿರಲಿಲ್ಲ. "ನಂಗೆ ಅದಕ್ಕೂ ಮುಂಚೆಯಿಂದ. ಎಚ್ಚರಿಕೆ ಪತ್ರ ಕೊಟ್ನಲ್ಲ, ನೀವು ಥ್ಯಾಂಕ್ಸ್ ಅಂದ್ರಿ. ನಂಗ್ಯಾರೂ ಹಾಗಂದಿರ್ಲಿಲ್ಲ."

ದಿನದ ಸುಸ್ತು ಹೋಗಿರಲಿಲ್ಲ. ತಿರುಮಲೇಶ್ ಅವರ ಚೀಟಿ ನನ್ನ ಬ್ಯಾಗಿನಲ್ಲಿತ್ತು. ನಾಳೆ ತಿಂಗಳ ಮೊದಲ ಶುಕ್ರವಾರ, ಗಿರಿಜಾದೇವಿಯವರಿಗೆ ನಾನೇ ಫೋನ್ ಮಾಡಬೇಕು. ತಿರುಮಲೇಶ್ ಎಲ್ಲಿ ಎಂದು ಆ ಅಮ್ಮ ಕೇಳುತ್ತಾರೆ, ಅದಕ್ಕೂ ನಿಜವನ್ನೇ ಹೇಳಬೇಕು. ಅದನ್ನು ಶರಣ್‌ಗೆ ಹೇಳಿದೆ. "ಫೋನ್ ಮಾಡೋವಾಗ ನಾನೂ ಪಕ್ಕದಲ್ಲಿರ್ತೀನಿ" ಎಂದ.

ಆಮೇಲೆ ಕೌಂಟರ್ ಕಡೆ ತಿರುಗಿ ಕೂಗಿದ. "ಅಣ್ಣ, ಎರಡು ಪ್ಲೇಟ್ ಇಡ್ಲಿ."